ಬಾಗಿಲು ಮುಚ್ಚುವವನ ಹೆಂಡತಿಗೆ ಐದು ನಿಮಿಷ

ನನ್ನ ಗಂಡ ದಿನಕ್ಕೆ ಸಾವಿರಾರು ಜನರ ಮುಖಕ್ಕೆ ಬಾಗಿಲು ಮುಚ್ಚುತ್ತಾನೆ. ಅದಕ್ಕೆ ಅವನಿಗೆ ಸಂಬಳ, ರಜೆ, ಮುಂದೆ ಪಿಂಚಣಿ ಎಲ್ಲ ಉಂಟು. ನಾನು ಸಿಟ್ಟು ಬಂದು ಒಂದೇ ಒಂದು ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡರೆ ಮಾತ್ರ ಅವನ ಅಕ್ಕತಂಗಿಯರೆಲ್ಲ ಫೋನ್ ಮಾಡಿ ವಿಚಾರಿಸುತ್ತಾರೆ.

ಅವನ ಹೆಸರು ಸ್ತಮಾತಿಸ್. ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ ಕಂಡಕ್ಟರ್. (ನಮ್ಮ ಗ್ರೀಕ್ ಭಾಷೆಯಲ್ಲಿ ಆ ಹೆಸರು ಕೇಳಿದರೆ 'ನಿಲ್ಲಿಸು' ಅಂದಂತೆ ಕೇಳಿಸುತ್ತದೆ. ಅತ್ತೆ ಮಗುವಿಗೆ ಹೆಸರಿಡುವಾಗಲೇ ಉದ್ಯೋಗವನ್ನೂ ಇಟ್ಟುಬಿಟ್ಟರು.) ನಾನು ವಾಸ್ಸೋ. ಮ್ಯಾನ್‌ಹಾಟನ್‌ನಲ್ಲಿ ಕಿವಿಗೆ ಹಾಕುವ ಶ್ರವಣಯಂತ್ರಗಳ ಅಂಗಡಿಯಲ್ಲಿ ಕೆಲಸ. ಪ್ರತಿದಿನ ಬೆಳಿಗ್ಗೆ ಮನೆಯಿರುವ ಆಸ್ಟೋರಿಯಾದಿಂದ ಅದೇ ಸಬ್‌ವೇಯಲ್ಲಿ ಹಿಂಡಿಸಿಕೊಂಡು ಹೋಗಿ, ಸಂಜೆ ಮತ್ತೆ ಹಿಂಡಿಸಿಕೊಂಡು ಬಂದು, ರಾತ್ರಿ ಊಟಕ್ಕೆ ಕೂತಾಗ ಆ ಹಿಂಡಿದ ರಸವನ್ನೆಲ್ಲ ಗಂಡನ ತಲೆಯ ಮೇಲೆ ಸುರಿಯುವುದು ನನ್ನ ನಿತ್ಯಕರ್ಮವಾಗಿತ್ತು.

ಒಂದು ದಿನ ಅವನು ಚಮಚ ಕೆಳಗಿಟ್ಟ.

"ವಾಸ್ಸೋ, ಇಡೀ ದಿನ ಜನ ಬೈತಾರೆ. ಕಿಟಕಿಯಿಂದ ತಲೆ ಹೊರಗೆ ಹಾಕಿದ್ರೆ ಬೈತಾರೆ, ಒಳಗೆ ಎಳ್ಕೊಂಡ್ರೆ ಬೈತಾರೆ. ಮನೇಗೆ ಬಂದ್ರೆ ನೀನು. ನಿಂಗೆ ಇಷ್ಟೊಂದು ಹೇಳೋದಿದ್ರೆ ಆ ಮೂಲೆ ಬಾರ್‌ಗೆ ಹೋಗು. ಹಿಂದಿನ ರೂಮಲ್ಲಿ ಗುರುವಾರ ಸಂಜೆ ಮೈಕ್ ಇಟ್ಟು ಬಂದವರಿಗೆಲ್ಲ ಕೊಡ್ತಾರಂತೆ. ಅಲ್ಲಿ ಹೇಳ್ಕೋ."

"ಹೋಗ್ತೀನಿ!" ಎಂದೆ.

"ಹೋಗು!"

"ಹೋಗೇ ಹೋಗ್ತೀನಿ!"

"ಸರಿ, ಸೂಪ್ ಬಡಿಸಿಟ್ಟು ಹೋಗು."

ಹೀಗೆ ನನ್ನ ಕಲಾಜೀವನ ಪ್ರಾರಂಭವಾಯಿತು.

ಗುರುವಾರ ಕೆಲಸ ಮುಗಿಸಿ ನೇರವಾಗಿ ಹೋದೆ. ಬಕೆಟ್ಟಿನಲ್ಲಿ ಹೆಸರಿನ ಚೀಟಿ ಹಾಕಬೇಕು, ಚೀಟಿ ಬಂದವರು ವೇದಿಕೆ ಹತ್ತಬೇಕು, ಐದು ನಿಮಿಷ ಮಾತಾಡಬೇಕು. ಕೊನೆಯ ನಿಮಿಷ ಶುರುವಾದಾಗ ಹಿಂದಿನ ಗೋಡೆಯಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಅದು ಕಂಡರೆ ಮಾತು ಮುಗಿಸಿ ಗಾಡಿ ಕಟ್ಟಬೇಕು. ನಡೆಸುವವಳು ಒಡೆಸ್ಸಾ ಪ್ರುಯಿಟ್ ಎಂಬ ದಪ್ಪ ಕನ್ನಡಕದ ಹೆಂಗಸು. ಯಾರು ನಗಿಸಿದರೂ ಅವಳು ನಗುವುದಿಲ್ಲ, ತಲೆಯಾಡಿಸಿ "ತಮಾಷೆಯಾಗಿದೆ" ಎನ್ನುತ್ತಾಳೆ. ವೈದ್ಯರು ನಾಲಿಗೆ ನೋಡಿ ಹೇಳುತ್ತಾರಲ್ಲ, ಹಾಗೆ.

ನನ್ನ ಸರದಿ ಬಂತು. ರೈಲಿನಲ್ಲಿ ಒಬ್ಬ ನನಗೆ ಎಷ್ಟು ಒತ್ತಿಕೊಂಡು ನಿಂತಿದ್ದ ಎಂದು ಹೇಳಬೇಕಿತ್ತು. ಅದಕ್ಕೆ ಮೊದಲು ಅವತ್ತು ಮಂಗಳವಾರ ಎಂದೆ. ಅಲ್ಲ, ಬುಧವಾರ ಎಂದೆ. ಹಿಂದಿನ ದಿನ ಮಳೆ ಬಂದಿತ್ತು, ನಾನು ನೀಲಿ ಕೋಟು ಹಾಕಿದ್ದೆ, ಆ ಕೋಟು ನಾದಿನಿ ಕೊಟ್ಟಿದ್ದು, ನಾದಿನಿಗೆ ಮಂಡಿನೋವು. ಮಂಡಿಯ ಹತ್ತಿರ ಬರುವಷ್ಟರಲ್ಲಿ ಕೆಂಪು ದೀಪ ಬಂತು. ರೈಲಿನವನು ಇನ್ನೂ ರೈಲು ಹತ್ತಿರಲೇ ಇಲ್ಲ.

ಒಬ್ಬರೂ ನಗಲಿಲ್ಲ. ಶ್ರವಣಯಂತ್ರ ಮಾರುವ ನನಗೆ ಆ ನಿಶ್ಶಬ್ದಕ್ಕೆ ಯಾವ ಯಂತ್ರವೂ ಸಾಲದು ಎಂದು ತಿಳಿಯಿತು.

ಇಳಿದು ಬಂದವಳನ್ನು ಒಡೆಸ್ಸಾ ಪಕ್ಕದಲ್ಲಿ ಕೂರಿಸಿಕೊಂಡಳು.

"ಮಂಡಿ ಚೆನ್ನಾಗಿದೆಯಾ ಈಗ?" ಎಂದಳು.

"ಯಾರದ್ದು?"

"ನಿನ್ನ ನಾದಿನೀದು. ನಂಗೆ ಬೇರೆ ಏನೂ ನೆನಪಿಲ್ಲ. ನೋಡು, ಪೀಠಿಕೆ ಇರೋದು ಕೇಳೋರ ತಲೇಲಿ ಒಂದು ಚಿತ್ರ ಕೂರಿಸೋಕೆ. ಅದಕ್ಕೆ ಬೇಕಾದಷ್ಟೇ ಹೇಳು. ಆಮೇಲೆ ಅದನ್ನ ಮಗುಚಿ ಹಾಕು. ಮಗುಚೋ ಪದ ವಾಕ್ಯದ ಕೊನೇಲಿ ಇರ್ಬೇಕು. ಅದಾದ ಮೇಲೆ ಒಂದು ಪದಾನೂ ಆಡ್ಬೇಡ. ಆಡಿದ್ರೆ ಅವರ ನಗೂನ ನೀನೇ ತುಳಿದ ಹಾಗೆ."

"ನಕ್ಕ ಮೇಲೆ?"

"ನಕ್ಕು ಮುಗಿಸೋಕೆ ಬಿಡ್ಬೇಡ. ನಗು ಏರಿ ಇಳಿಯೋಕೆ ಶುರುವಾದಾಗ ಬಾಲ ಹಚ್ಚು. ಹೊಸ ಪೀಠಿಕೆ ಬೇಡ, ಅದೇ ಚಿತ್ರದ ಮೇಲೆ ಇನ್ನೊಂದು ಪುಟ್ಟ ಮಾತು. ಅದಕ್ಕೆ ನಾವು ಟ್ಯಾಗ್ ಅಂತೀವಿ. ಒಂದು ಪೀಠಿಕೆಗೆ ಮೂರು ನಗು ಬಂದ್ರೆ ಲಾಭ."

ಮನೆಗೆ ಬಂದು ಅಡುಗೆಮನೆಯಲ್ಲಿ ಕತ್ತರಿಸಲು ಕೂತೆ. ಈರುಳ್ಳಿಯನ್ನಲ್ಲ, ವಾಕ್ಯಗಳನ್ನು. ನೀಲಿ ಕೋಟು ಹೋಯಿತು. ಮಳೆ ಹೋಯಿತು. ನಾದಿನಿಯನ್ನು ಮಂಡಿಸಮೇತ ಮನೆಗೆ ಕಳಿಸಿದೆ. ಉಳಿದಿದ್ದು ಇಷ್ಟು: "ರೈಲಲ್ಲಿ ಒಬ್ಬ ನನಗೆ ಎಷ್ಟು ಹತ್ತಿರ ನಿಂತಿದ್ದ ಅಂದ್ರೆ, ಅವನು ಉಸಿರು ಬಿಟ್ಟಾಗ ಮಾತ್ರ ನಾನು ಎಳ್ಕೋಬಹುದಿತ್ತು." ಹೇಳಿ ನೋಡಿದೆ. 'ಎಳ್ಕೋಬಹುದಿತ್ತು' ಕೊನೆಗೆ ಬಂತು, ಸರಿ. ಟ್ಯಾಗ್ ಬೇಕಲ್ಲ? "ಎರಡು ದೇಹ, ಒಂದೇ ಉಸಿರು. ಚರ್ಚಿನಲ್ಲಿ ಪಾದ್ರಿ ಮದುವೆ ಅಂದ್ರೆ ಹೀಗೇ ಇರುತ್ತೆ ಅಂದಿದ್ರು." ಇನ್ನೊಂದು? ಬೇಳೆ ಸೂಪು ತಿರುವುತ್ತಾ ಯೋಚಿಸಿದೆ. ತಾನಾಗಿ ಬಂತು: "ಮದುವೆ ಆದವನು ಮಾತ್ರ ಅಷ್ಟು ಹತ್ತಿರ ಬಂದು ಬಹಳ ಕಾಲ ಆಯ್ತು."

ನಾನೇ ನಕ್ಕೆ. ಪಕ್ಕದ ರೂಮಿನಿಂದ ಸ್ತಮಾತಿಸ್ ಕೂಗಿದ: "ಏನು ಅಷ್ಟು ನಗು?"

"ಸೂಪ್ ಚೆನ್ನಾಗಿದೆ!"

"ಅದಕ್ಕೆ ನಗ್ತಾರಾ?"

ಇಲ್ಲಿಂದ ತೊಂದರೆ ಮೊಳಕೆಯೊಡೆಯಿತು. ಯಾವ ಹಾಸ್ಯ ಬರೆದರೂ ಅದರ ಕೊನೆಯ ಬಾಲ ಹೋಗಿ ನನ್ನ ಗಂಡನಿಗೇ ಅಂಟಿಕೊಳ್ಳುತ್ತಿತ್ತು. ಕಂಡಕ್ಟರ್‌ಗಳು ಪ್ರತಿ ನಿಲ್ದಾಣದಲ್ಲಿ ಕಿಟಕಿಯಿಂದ ಕೈ ಚಾಚಿ, ಪ್ಲಾಟ್‌ಫಾರ್ಮ್ ಮೇಲೆ ತೂಗುವ ಕಪ್ಪು-ಬಿಳಿ ಪಟ್ಟೆಯ ಹಲಗೆಗೆ ಬೆರಳು ತೋರಿಸಬೇಕು. ರೈಲು ಸರಿಯಾದ ಜಾಗದಲ್ಲಿ ನಿಂತಿದೆ ಎಂದು ಖಾತ್ರಿಯಾದ ಮೇಲೆಯೇ ಬಾಗಿಲು ತೆರೆಯುವುದು. ಅದರ ಬಗ್ಗೆ ಬರೆಯಲು ಹೋದರೆ ಕೈ ತಾನೇ ಬರೆಯಿತು: "ನನ್ನ ಗಂಡ ದಿನವಿಡೀ ಆ ಹಲಗೆ ಎಲ್ಲಿದೆ ಅಂತ ಬೆರಳು ಮಾಡಿ ತೋರಿಸ್ತಾನೆ. ಮನೇಲಿ ಬೆಣ್ಣೆ ಎಲ್ಲಿದೆ ಅಂತ ಇವತ್ತಿಗೂ ಗೊತ್ತಿಲ್ಲ." ಟ್ಯಾಗ್: "ಫ್ರಿಜ್ಜಿಗೆ ಪಟ್ಟೆ ಬಳಿಸಿದ್ದೀನಿ."

ಎರಡು ಮೂರು ಗುರುವಾರ ಹೋಗಿ ಒಂದೊಂದಾಗಿ ಹೇಳಿ ನೋಡಿದೆ. ನಗು ಬಂದದ್ದನ್ನು ಇಟ್ಟುಕೊಂಡೆ, ಬರದಿದ್ದನ್ನು ಬಿಸಾಕಿದೆ, ಅರ್ಧ ಬಂದದ್ದಕ್ಕೆ ಪದ ಬದಲಿಸಿದೆ. ಒಡೆಸ್ಸಾ ಒಂದು ಸಲ "ತಮಾಷೆಯಾಗಿದೆ" ಎಂದಳು. ನಾನು ಮನೆಯವರೆಗೂ ನೆಲ ಮುಟ್ಟದೆ ನಡೆದೆ.

ಆಗ ಅವಳು ಒಂದು ಶನಿವಾರ ಸಂಜೆಯ ನಿಜವಾದ ಪ್ರದರ್ಶನದಲ್ಲಿ ನನಗೆ ಐದು ನಿಮಿಷ ಕೊಟ್ಟಳು. ಟಿಕೆಟ್ ತೆಗೆದುಕೊಂಡು ಬರುವ ಜನ! ಸಂತೋಷದಲ್ಲಿ ಬಾಯಿ ತಪ್ಪಿ ಗಂಡನಿಗೆ ಹೇಳಿಬಿಟ್ಟೆ.

"ನಾನೂ ಬರ್ತೀನಿ," ಎಂದ.

"ಬೇಡ, ನಿಂಗೆ ಬೇಜಾರಾಗತ್ತೆ."

"ಯಾಕೆ ಬೇಜಾರು? ಜನ ರೈಲಿನ ಬಗ್ಗೆ ದೂರೋದು ಕೇಳೋಕೆ ನಂಗೆ ಅಭ್ಯಾಸ. ಅಲ್ಲಿ ಕೂತ್ಕೊಂಡಾದ್ರೂ ಕೇಳ್ತೀನಿ."

ಅವತ್ತು ಅವನು ಮದುವೆ ಮನೆಗಳಿಗೆ ಹಾಕುವ ಕೋಟು ಹಾಕಿದ. ಮೀಸೆ ಬಾಚಿದ. ಬಾರ್‌ನಲ್ಲಿದ್ದವರಿಗೆಲ್ಲ "ಅವಳು ನನ್ನ ಹೆಂಡ್ತಿ" ಎಂದು ಹೇಳಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತ. ಪರದೆಯ ಸಂದಿಯಿಂದ ಅದನ್ನೆಲ್ಲ ನೋಡಿದೆ. ಅಂಥ ಮುಖದ ಮುಂದೆ ಆ ಹಾಸ್ಯ ಹೇಳುವುದು ಹೇಗೆ? ತೆಗೆದುಬಿಡೋಣವೆಂದರೆ, ಅವನನ್ನು ತೆಗೆದರೆ ಉಳಿಯುವುದು ಬರೀ ರೈಲು.

ಹತ್ತಿದೆ. ಉಸಿರಿನದು ಹೇಳಿದೆ, ನಕ್ಕರು. ಪಾದ್ರಿಯದು, ಇನ್ನೂ ನಕ್ಕರು. ಮೂರನೆಯ ಬಾಲ ನಾಲಿಗೆಯ ತುದಿಗೆ ಬಂದಾಗ ಹಿಂದಿನ ಸಾಲು ನೋಡಿದೆ; ನುಂಗಿದೆ. ನಗು ಇಳಿದು ತಣ್ಣಗಾಯಿತು. ಮುಂದಿನದಕ್ಕೆ ಹೋದೆ: "ಬೆನ್ನಿಗೆ ಚೀಲ ಹಾಕ್ಕೊಂಡ ಒಬ್ಬ ತಿರುಗಿದ. ನನ್ನ ಕನ್ನಡಕ ಚೀಲಕ್ಕೆ ಸಿಕ್ಕಿ ಮುಂದಿನ ಸ್ಟೇಷನ್ನಲ್ಲಿ ಇಳಿದುಹೋಯ್ತು." ಬಾಲ: "ಅದಕ್ಕೆ ಇಳಿಯೋಕೆ ಜಾಗ ಸಿಕ್ತು ನೋಡಿ." ಸುಮಾರಾಗಿ ನಕ್ಕರು. ಜನ ಗ್ಲಾಸಿನ ಕಡೆ ಕೈ ಹಾಕುವುದು ಕಾಣಿಸಿತು. ಒಡೆಸ್ಸಾ ಕನ್ನಡಕ ಒರೆಸುತ್ತಿದ್ದಳು. ಈಗ ಕೈ ಬಿಟ್ಟರೆ ಮಂಡಿನೋವಿನ ಕಾಲಕ್ಕೇ ವಾಪಸು ಎಂದು ತಿಳಿಯಿತು.

ದೇವರ ಮೇಲೆ ಭಾರ ಹಾಕಿ ಶುರುಮಾಡಿದೆ.

"ಸುರಂಗದಲ್ಲಿ ರೈಲು ನಿಂತ್ಕೊಳ್ತು. ಕಂಡಕ್ಟರ್ ಮೈಕಲ್ಲಿ ಬಹಳ ಮುಖ್ಯವಾದ ವಿಷಯ ತಿಳಿಸಿದ: ಗ್ರ್ರ್ ಖ್ಖ್ರ್ ಬ್ರ್ರ್ ಧನ್ಯವಾದ."

ರೂಮು ಸಿಡಿಯಿತು. ಕಾದೆ. ಇಳಿಯುತ್ತಿದ್ದಂತೆ ಬಾಲ: "ಪಕ್ಕದವಳು ನನ್ನ ಕೇಳಿದ್ಲು, 'ಏನಂದ ಅವನು?'" ಇನ್ನೊಂದು: "ನಂಗೇನು ಗೊತ್ತು? ಇಪ್ಪತ್ತು ವರ್ಷದಿಂದ ಅವನ ಜೊತೆ ಸಂಸಾರ ಮಾಡ್ತಿದ್ದೀನಿ ಅಷ್ಟೇ!"

ಮೇಜು ಬಡಿದು ನಕ್ಕರು. ಆ ನಗುವಿನ ನಡುವೆ ಹಿಂದಿನ ಸಾಲಿನಲ್ಲಿ ಮದುವೆಯ ಕೋಟು ಎದ್ದು ನಿಂತಿತು. ಹೊರಟುಹೋಗುತ್ತಾನೆ ಎಂದುಕೊಂಡೆ. ಅವನು ಹೋಗಲಿಲ್ಲ. ಎಲ್ಲರೂ ತಿರುಗಿ ನೋಡುವವರೆಗೆ ಸುಮ್ಮನೆ ನಿಂತ. ಆಮೇಲೆ, ಮುಂದೆ ಇನ್ನೊಂದು ರೈಲು ಅಡ್ಡವಿದ್ದಾಗ ಪ್ರಯಾಣಿಕರಿಗೆ ಸಾರುವ ಧಾಟಿಯಲ್ಲೇ, ಆದರೆ ಗಂಟೆ ಬಾರಿಸಿದಂಥ ಧ್ವನಿಯಲ್ಲಿ, ಒಂದೊಂದು ಅಕ್ಷರವೂ ಬೇರೆ ಬೇರೆ ಕೇಳುವಂತೆ ಹೇಳಿದ:

"ಮಹಿಳೆಯರೇ, ಮಹನೀಯರೇ. ಮುಂದೆ ನನ್ನ ಹೆಂಡತಿ ಇರೋದ್ರಿಂದ ನಾವು ಇಲ್ಲೇ ನಿಂತಿದ್ದೇವೆ. ದಯವಿಟ್ಟು ತಾಳ್ಮೆಯಿಂದಿರಿ." ಕಾದ. "ಇಪ್ಪತ್ತು ವರ್ಷದಿಂದ ನಾನು ಹಾಗೇ ಇದ್ದೀನಿ."

ಅಂಥ ನಗುವನ್ನು ಆ ರೂಮಿನಲ್ಲಿ ನಾನು ಕೇಳಿರಲಿಲ್ಲ. ಅದು ಇಳಿಯುವ ಹೊತ್ತಿಗೆ ಸರಿಯಾಗಿ ಗೋಡೆಯಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಅವನು ತೋಳು ಚಾಚಿ, ನೆಟ್ಟಗೆ ಅದಕ್ಕೆ ಬೆರಳು ತೋರಿಸಿದ.

"ಪಕ್ಕಕ್ಕೆ ಸರಿಯಿರಿ. ಬಾಗಿಲು ಮುಚ್ಚುತ್ತಿದೆ."

ಒಡೆಸ್ಸಾ ನಕ್ಕಳು! ಗೊರಕೆಯಂಥ ಒಂದು ನಗು, ಆದರೂ ನಗುವೇ. ನಾನು ಗೆದ್ದೆನೋ ಸೋತೆನೋ ತಿಳಿಯದೆ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಇಳಿದೆ. ಅವಳು ನನ್ನ ಬೆನ್ನು ತಟ್ಟಿ, "ಚೆನ್ನಾಗಿತ್ತು. ಮುಂದಿನ ತಿಂಗಳು ಅವನಿಗೆ ಐದು ನಿಮಿಷ" ಎಂದಳು.

ಮನೆಯ ದಾರಿಯಲ್ಲಿ ಕೇಳಿದೆ, "ಬೇಜಾರಾಯ್ತಾ?"

"ಆಯ್ತು," ಎಂದ. ಸ್ವಲ್ಪ ದೂರ ನಡೆದು, "ಆದ್ರೆ ನಕ್ಕರಲ್ಲ. ನನ್ನ ಮಾತು ಕೇಳಿ ಜನ ಬೈದೇ ಇದ್ದಿದ್ದು ಇದೇ ಮೊದಲು," ಎಂದು ನನ್ನ ಕೈ ಹಿಡಿದುಕೊಂಡ.

"ಮಾತಿನ ಮಧ್ಯೆ ಹಾಗೆ ನಿಲ್ಲೋದು ಎಲ್ಲಿ ಕಲಿತೆ? ನನಗೆ ಅದು ಬರಲ್ಲ ಅಂತ ಒಡೆಸ್ಸಾ ಪ್ರತಿ ಗುರುವಾರ ಬೈತಾಳೆ."

"ಎಲ್ಲರೂ ಒಳಗೆ ಬರೋವರೆಗೆ ಬಾಗಿಲು ಹಾಕಬಾರದು ಕಣೇ. ಅಷ್ಟೇ."

ಈಗ ನಮ್ಮ ಅಡುಗೆಮನೆಯ ಮೇಜಿನಲ್ಲಿ ಇಬ್ಬರು ಕಲಾವಿದರು. ಅವನು ನನ್ನ ಪೀಠಿಕೆ ಕತ್ತರಿಸುತ್ತಾನೆ, ನಾನು ಅವನ ಬಾಲ ಎಳೆಯುತ್ತೇನೆ. ಸೂಪು ಎಷ್ಟೋ ಸಲ ತಳ ಹಿಡಿಯುತ್ತದೆ. ಮೊನ್ನೆ ಸೋಮವಾರ ಬೆಳಿಗ್ಗೆ ನನಗೆ ಅವನ ರೈಲೇ ಸಿಕ್ಕಿತು. ನಾಲ್ಕು ಜನರ ನಡುವೆ ಜಾಮ್ ಮೆತ್ತಿದ ಬ್ರೆಡ್ಡಿನಂತೆ ನಿಂತಿದ್ದೆ. ಧ್ವನಿವರ್ಧಕ ಗರಗರ ಎಂದಿತು.

"ಶುಭೋದಯ. ಚೀಲಗಳನ್ನ ಬೆನ್ನಿಂದ ಇಳಿಸಿ ಕಾಲ ಹತ್ತಿರ ಇಟ್ಕೊಳ್ಳಿ. ನನ್ನ ಹೆಂಡ್ತಿ ಹೀಗೇ ಒಂದು ಕನ್ನಡಕ ಕಳ್ಕೊಂಡ್ಲು." ವಿರಾಮ. "ಹೊಸದು ಕೊಡಿಸಿದೆ. ಆವತ್ತು ಮೊದಲನೇ ಸಲ ನನ್ನ ಸರಿಯಾಗಿ ನೋಡಿದ್ಲು." ವಿರಾಮ. "ವಾಪಸ್ ಕೊಡೋಕೆ ಆಗತ್ತಾ ಅಂತ ಅಂಗಡಿಯವನ್ನ ಕೇಳಿದ್ಲು. ಕನ್ನಡಕ ಅಲ್ಲ."

ಇಡೀ ಬೋಗಿ ನಕ್ಕಿತು. ಯಾರಿಗೂ ಅಲುಗಾಡಲು ಜಾಗವಿಲ್ಲದ್ದರಿಂದ ಎಲ್ಲರೂ ಒಟ್ಟಿಗೇ ಅಲುಗಾಡಿದರು. ನನ್ನ ಪಕ್ಕದವಳು ಕಣ್ಣೊರೆಸಿಕೊಳ್ಳುತ್ತಾ, "ಪಾಪ ಆ ಮನುಷ್ಯ! ಅದೆಂಥ ಹೆಂಡ್ತಿ ಕಟ್ಕೊಂಡಿದ್ದಾನೋ!" ಎಂದಳು.

ನಾನೇ ಆ ಹೆಂಡತಿ ಎಂದು ಹೇಳಲು ಬಾಯಿ ತೆರೆದೆ. ಮಾತು ಬರಲಿಲ್ಲ, ನಗು ಬಂತು. ಹೊಟ್ಟೆ ಹಿಡಿದುಕೊಳ್ಳಲು ಕೈ ಎತ್ತುವುದಕ್ಕೂ ಜಾಗವಿಲ್ಲದೆ ನಗುತ್ತಿರುವಾಗಲೇ ನನ್ನ ಸ್ಟೇಷನ್ ಬಂತು, ಬಾಗಿಲು ತೆರೆಯಿತು, ಸಾವಕಾಶವಾಗಿ ಮುಚ್ಚಿತು. ಮುಂದಿನದರಲ್ಲಿ ಇಳಿದು ಓಡೋಡಿ ಅಂಗಡಿ ತಲುಪುವಷ್ಟರಲ್ಲಿ ಯಜಮಾನರು ಬಾಗಿಲಲ್ಲೇ ನಿಂತಿದ್ದರು.

"ತಡವಾಯ್ತಲ್ಲ ವಾಸ್ಸೋ, ರೈಲು ಕೈ ಕೊಟ್ಟಿತಾ?"

"ಇಲ್ಲ ಸರ್," ಎಂದೆ ಏದುಸಿರು ಬಿಡುತ್ತಾ, "ರೈಲು ಸರಿಯಾಗೇ ಬಂತು. ಕಂಡಕ್ಟರ್ ಒಂದು ಬಾಲ ಜಾಸ್ತಿ ಹಚ್ಚಿದ."