ಅಗ್ನಿಹಸ್ತದವರು ಬೇಕಾಗಿದ್ದಾರೆ

ಡಾನ್ ಕಣಿವೆ ಕನ್ನಡ ಕೂಟದ ಸರ್ವಸದಸ್ಯರ ಸಭೆಯು, ಚುನಾವಣೆ ಎಂಬುದು ಮನಸ್ತಾಪಕ್ಕೆ ಮೂಲವೆಂದು ಮನಗಂಡು, ಇನ್ನು ಮುಂದೆ ಕೂಟದ ಸಕಲ ಹುದ್ದೆ, ಪಾತ್ರ ಹಾಗೂ ಕೆಲಸಗಳನ್ನು ಅಂಗೈಯ ಆಕಾರ ನೋಡಿ ಹಂಚತಕ್ಕದ್ದೆಂದು ಸರ್ವಾನುಮತದಿಂದ ನಿರ್ಣಯಿಸಿತು. ಸರ್ವಾನುಮತಕ್ಕೆ ಕಾರಣವಿತ್ತು. ವಿರೋಧವಿದ್ದವರು ಕೈ ಎತ್ತಿ ಎಂದಾಗ ಎಲ್ಲರೂ ತಮ್ಮ ತಮ್ಮ ಅಂಗೈ ನೋಡಿಕೊಳ್ಳುವುದರಲ್ಲಿ ಮಗ್ನರಾಗಿದ್ದರು.

ಯೋಜನೆ ಕಾರ್ಯದರ್ಶಿ ರಘುನಾಥರದು. ಅವರು ನಾರ್ತ್ ಯಾರ್ಕಿನ ಒಂದು ಕಚೇರಿಯಲ್ಲಿ ಇತರರ ಕೆಲಸವನ್ನು ಹೇಗೆ ಮಾಡಬೇಕೆಂದು ಹೇಳಿಕೊಡುವ ಕೆಲಸದಲ್ಲಿದ್ದರು. ರಾತ್ರೋರಾತ್ರಿ ಎನ್ನಬಹುದಾದಷ್ಟು ಬೇಗ ಹದಿನಾಲ್ಕು ಪುಟಗಳ 'ಹಸ್ತ ನಿಯಮಾವಳಿ' ಎಲ್ಲರ ವಾಟ್ಸಾಪಿಗೆ ಬಂದು ಬಿತ್ತು. ಅದರ ಸಾರ ಇಷ್ಟು: ಚೌಕ ಅಂಗೈ, ಗಿಡ್ಡ ಬೆರಳು ಇದ್ದರೆ ಭೂಮಿ ಹಸ್ತ. ಇವರು ನೆಲ ಬಿಡದವರು, ಕೈಕೆಲಸದವರು, ನಂಬಿಕಸ್ಥರು, ತುಸು ಹಟಮಾರಿಗಳು. ಕುರ್ಚಿ, ಪಾರ್ಕಿಂಗ್, ಅಡುಗೆ ಇವರದು. ಚೌಕ ಅಂಗೈಗೆ ಉದ್ದ ಬೆರಳು ಸೇರಿದರೆ ವಾಯು ಹಸ್ತ. ಬುದ್ಧಿವಂತರು, ಮಾತುಗಾರರು, ಎಲ್ಲವನ್ನೂ ತಿಳಿಯಬೇಕೆನ್ನುವವರು, ಸಣ್ಣದಕ್ಕೂ ಚಿಂತಿಸುವವರು. ಪ್ರಕಟಣೆ, ಪತ್ರಿಕೆ, ಚರ್ಚೆ ಇವರಿಗೆ. ಅಂಗೈ ಅಗಲಕ್ಕಿಂತ ಉದ್ದವಿದ್ದು ಬೆರಳು ಗಿಡ್ಡವಿದ್ದರೆ ಅಗ್ನಿ. ಹುರುಪಿನವರು, ಮುಂದೆ ನುಗ್ಗುವವರು, ಥಟ್ಟನೆ ತೀರ್ಮಾನಿಸುವವರು, ಬೇಗ ಸಿಟ್ಟಾಗಿ ಬೇಗ ಬೇಸರಪಡುವವರು. ಅಧ್ಯಕ್ಷಗಿರಿಯೂ ನಾಟಕದ ರಾಜನ ಪಾತ್ರವೂ ಇವರಿಗೇ ಮೀಸಲು. ಅಂಗೈ, ಬೆರಳು ಎರಡೂ ಉದ್ದವಿದ್ದರೆ ಜಲ. ಮೃದು ಮನಸ್ಸಿನವರು, ಕಲ್ಪನೆ ಹೆಚ್ಚು, ಬೇರೆಯವರ ದುಃಖ ತಮಗೇ ಅಂಟಿಸಿಕೊಳ್ಳುವವರು. ಹಾಡು ಮತ್ತು ಸಂತಾಪಸೂಚನೆ ಅವರ ಪಾಲಿಗೆ.

ಶಾಸ್ತ್ರ ಬಲ್ಲವರು ಇದನ್ನು ಕಣ್ಣಂದಾಜಿನಲ್ಲಿ ಹೇಳುತ್ತಾರೆ. ಕಣ್ಣಂದಾಜಿಗೆ ಫಾರಂ ಇಲ್ಲದ ಕಾರಣ ರಘುನಾಥರು ಅಳತೆ ಗೊತ್ತುಮಾಡಿದರು. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ಬುಡದವರೆಗೆ ಅಂಗೈಯ ಉದ್ದ. ಉದ್ದಕ್ಕೂ ಅಗಲಕ್ಕೂ ಅರ್ಧ ಇಂಚಿನೊಳಗೆ ವ್ಯತ್ಯಾಸವಿದ್ದರೆ ಚೌಕ. ನಡುಬೆರಳು ಅಂಗೈಯ ಉದ್ದದ ಮುಕ್ಕಾಲಿಗಿಂತ ಕಡಿಮೆಯಿದ್ದರೆ ಗಿಡ್ಡ.

ವುಡ್‌ಬ್ರಿಡ್ಜಿನ ಕಪಾಟು ತಯಾರಿಸುವ ಕಾರ್ಖಾನೆಯೊಂದರಲ್ಲಿ ಗರಗಸದ ಯಂತ್ರ ನಡೆಸುತ್ತಿದ್ದ ನಿಜಗುಣ ಈ ನಿಯಮಾವಳಿಯನ್ನು ಊಟದ ಬಿಡುವಿನಲ್ಲಿ ಎರಡು ಸಲ ಓದಿದ. ಅವನಿಗೆ ಬದುಕಿನಲ್ಲಿ ಒಂದೇ ಒಂದು ಆಸೆಯಿತ್ತು: ರಾಜ್ಯೋತ್ಸವದ ನಾಟಕದಲ್ಲಿ ರಾಜನಾಗಬೇಕು. ಗೋಕಾಕದ ಹತ್ತಿರದ ತನ್ನ ಊರಲ್ಲಿ ಹದಿನೆಂಟನೇ ವಯಸ್ಸಿಗೇ ಸಣ್ಣಾಟದ ಬಯಲು ರಂಗದಲ್ಲಿ ಕುಣಿದವನು. ಕಡಲು ದಾಟಿ ಇಲ್ಲಿಗೆ ಬಂದ ಮೇಲೆ ಒಂಬತ್ತು ವರ್ಷ ರಾಜನ ಸಿಂಹಾಸನವನ್ನು ವ್ಯಾನಿನಿಂದ ವೇದಿಕೆಗೆ, ವೇದಿಕೆಯಿಂದ ವ್ಯಾನಿಗೆ ಹೊತ್ತಿದ್ದ. ಅದರಲ್ಲಿ ಕೂರುವವರು ಮಾತ್ರ ಪ್ರತಿ ಚುನಾವಣೆಯಲ್ಲೂ ಗೆದ್ದವರ ಭಾವಮೈದುನರೇ ಆಗಿರುತ್ತಿದ್ದರು. ಈ ಸಲ ಚುನಾವಣೆಯೇ ಇಲ್ಲ. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸದಂತೆ ಅವನು ರಾಜನ ಮಾತುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳತೊಡಗಿದ.

ಅಳತೆಯ ದಿನ ಇನ್ನೂರ ಹನ್ನೆರಡು ಸದಸ್ಯರು ಸಾಲಾಗಿ ನಿಂತರು. ಸ್ವಯಂಸೇವಕರು ದರ್ಜಿಯ ಟೇಪು ಹಿಡಿದು, ಹೆಬ್ಬೆರಳನ್ನು ಪೂರ್ತಿ ಹೊರಗೆ ಚಾಚಿಸಿ, ಅದರ ಬುಡದ ಉಬ್ಬನ್ನೂ ಸೇರಿಸಿ ಅಗಲ ಬರೆದುಕೊಂಡರು. ಕೋಕಿಲಾ ಎಂಬವರ ಬೆರಳನ್ನು ಉಗುರಿನ ತುದಿಯವರೆಗೂ ಅಳೆದಿದ್ದರಿಂದ, ಆ ವಾರವಷ್ಟೇ ಅಂಟಿಸಿಕೊಂಡು ಬಂದಿದ್ದ ಉಗುರುಗಳ ಬಲದಲ್ಲಿ ಅವರು ವಾಯು ಹಸ್ತದವರಾಗಿ ಪ್ರಕಟಣಾ ವಿಭಾಗದ ಮುಖ್ಯಸ್ಥೆಯಾದರು.

ಫಲಿತಾಂಶ ಹೀಗಿತ್ತು. ಭೂಮಿ: ನೂರ ಎಪ್ಪತ್ತು. ವಾಯು: ನಲವತ್ತೊಂದು. ಜಲ: ಇಲ್ಲ. ಅಗ್ನಿ: ಒಬ್ಬರು.

ಆ ಒಬ್ಬರು ಥಾರ್ನ್‌ಕ್ಲಿಫ್ ಪಾರ್ಕಿನ ಒಂದು ಅಪಾರ್ಟ್‌ಮೆಂಟಿನ ಹದಿಮೂರನೇ ಮಹಡಿಯ ಮಲ್ಲವ್ವ. ವಯಸ್ಸು ಎಪ್ಪತ್ತೊಂದು. ಬಟ್ಟೆ ಒಣಗಿಸುವ ಯಂತ್ರದ ಬಾಗಿಲಿಗೆ ಹೆಬ್ಬೆರಳು ಸಿಕ್ಕಿಸಿಕೊಂಡು ಬ್ಯಾಂಡೇಜಿನಲ್ಲಿ ಬಂದಿದ್ದರು. ಚಾಚಲಾಗದ ಹೆಬ್ಬೆರಳನ್ನು ಬಿಟ್ಟು, ನಾಲ್ಕು ಬೆರಳ ಬುಡದಲ್ಲಿ ಅಡ್ಡಲಾಗಿ ಅಳೆದಿದ್ದರು. ಫಾರಂನಲ್ಲಿ 'ಹೆಬ್ಬೆರಳು ಅಲಭ್ಯ' ಎಂದು ಷರಾ ಇತ್ತು. ಅವರು ಯಾರಿಗೂ ಜೋರಾಗಿ ಮಾತಾಡಿದವರಲ್ಲ. ಅಗ್ನಿ ಹಸ್ತವೆಂದು ತಿಳಿದ ಕ್ಷಣದಿಂದ ಮೇಜು ಕುಟ್ಟತೊಡಗಿದರು. ಕಾರ್ಯದರ್ಶಿಗಳು ಸಂತೋಷದಿಂದ ಅಧ್ಯಕ್ಷಸ್ಥಾನ ಒಪ್ಪಿಸಿದರು.

ನಿಜಗುಣನ ಚೀಟಿಯಲ್ಲಿ ಬರೆದಿತ್ತು: 'ಭೂಮಿ. ಕುರ್ಚಿ ಹಾಗೂ ಸಿಂಹಾಸನ ಸಾಗಣೆ.' ಇದ್ದೊಬ್ಬ ಅಗ್ನಿಯವರು ಅಧ್ಯಕ್ಷರಾಗಿ, ರಾಜನ ಪಾತ್ರಕ್ಕೆ ಅರ್ಹರು ಉಳಿಯದ್ದರಿಂದ ಸಿಂಹಾಸನವನ್ನು ಖಾಲಿ ಇಟ್ಟು, ಮಂತ್ರಿ ಅದರ ಜೊತೆ ಮಾತಾಡುವುದೆಂದೂ ತೀರ್ಮಾನವಾಗಿತ್ತು. ನಿಜಗುಣ ಚೀಟಿಯನ್ನು ಮಡಚಿ ಜೇಬಿಗಿಟ್ಟ. ಭಾವಮೈದುನರಿಗೆ ಸೋಲುವುದನ್ನು ಒಂಬತ್ತು ವರ್ಷ ಸಹಿಸಿದ್ದ. ಖಾಲಿ ಕುರ್ಚಿಗೆ ಸೋಲುವುದು ಅವನಿಂದ ಆಗಲಿಲ್ಲ.

"ನಿಮ್ಮ ಕೈ ನೋಡಿದ್ರ ಯಾರಾದ್ರೂ ಭೂಮಿ ಅಂತನ ಅಂತಾರ ಬಿಡ್ರಿ," ಎಂದಳು ಹೆಂಡತಿ ತೃಪ್ತಿ, ರೊಟ್ಟಿ ಬಡಿಯುತ್ತಾ. "ಮರಳಿನ ಕಾಗದ ಆಗ್ಯಾವು."

"ಚರ್ಮ ಬಿಡ ನೀ. ಅದು ಕಟಗಿ ಕೆಲಸಕ್ಕ ಒರಟಾಗೇತಿ. ಆಕಾರ ನೋಡಬೇಕು, ಆಕಾರ."

ಅವನು ಕಾರ್ಖಾನೆಯ ಉಕ್ಕಿನ ಅಳತೆಗೋಲು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಕೈ ಹರಡಿದ. ಅಂಗೈಯ ಉದ್ದ ನಾಲ್ಕೂಕಾಲು ಇಂಚು. ಹೆಬ್ಬೆರಳು ಸೇರಿಸಿದರೆ ಅಗಲವೂ ನಾಲ್ಕೂಕಾಲು; ಚೌಕ. ಹೆಬ್ಬೆರಳು ಬಿಟ್ಟರೆ ಮೂರೂಕಾಲು. ಒಂದು ಇಂಚು ಉದ್ದ ಹೆಚ್ಚು. ನಡುಬೆರಳು ಉಗುರು ಬಿಟ್ಟು ಮೂರೇ ಇಂಚು, ಮುಕ್ಕಾಲಿಗಿಂತ ಕಡಿಮೆ.

"ತೃಪ್ತಿ," ಎಂದ, ಅಳತೆಗೋಲು ಎತ್ತಿ ಹಿಡಿದು, "ನಾ ಬೆಂಕಿ ಅದೀನಿ."

"ಅದಕ್ಕ ಒಲಿ ಕಡೆ ನಿಂತೀರಿ. ಸರೀರಿ ಅತ್ತಾಗ, ರೊಟ್ಟಿ ಹೊತ್ತತದ."

ರವಿವಾರದ ಸಭೆಯಲ್ಲಿ ಅವನು ಎದ್ದು ನಿಂತ. "ಸರ, ಕಪಾಟಿಗೆ ಹಲಗಿ ಅಳಿಯೂಮುಂದ ಹಿಡಿಕಿ ಹಿಡದು ಅಳಿತೀವೇನ್ರಿ? ಹೆಬ್ಬೆರಳು ಅಂಗೈ ಅಲ್ರಿ. ಅದನ್ನ ಹಿಡದು ಅಳದ್ರ ಊರ ಮಂದಿ ಎಲ್ಲಾ ಚೌಕ ಆಗ್ತಾರ."

ರಘುನಾಥರು ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. "ನೋಡಿ ನಿಜಗುಣ, ನೀವು ಹೇಳ್ತಿರೋದು ಟೆಕ್ನಿಕಲಿ ಕರೆಕ್ಟು. ಆದ್ರೆ ಪ್ರಾಸೆಸ್ ಕಂಪ್ಲೀಟ್ ಆಗ್ಬಿಟ್ಟಿದೆ. ತಪ್ಪು ಅಂತ ಒಪ್ಕೊಂಡ್ರೆ ಇನ್ನೂರ ಹನ್ನೆರಡು ಫಾರಂ ವಾಪಸ್ ತಗೋಬೇಕು."

ವಿಷಯವನ್ನು ವಾಯು ಹಸ್ತದವರ ಚರ್ಚೆಗೆ ಬಿಡಲಾಯಿತು. ನಲವತ್ತೊಂದು ಮಂದಿ ಮೂರು ವಾರ ಚರ್ಚಿಸಿದರು. ಹೆಬ್ಬೆರಳಿನ ಇತಿಹಾಸ, ಹೆಬ್ಬೆರಳಿನ ಭವಿಷ್ಯ, ಹೆಬ್ಬೆರಳು ಬೆರಳೋ ಅಲ್ಲವೋ ಎಂಬ ಬಗ್ಗೆ ಕೋಕಿಲಾ ಅವರ ಮೂವತ್ತು ಸ್ಲೈಡು. ಕೊನೆಗೆ ಎಲ್ಲರಿಗೂ ಚಿಂತೆ ಹೆಚ್ಚಾಗಿದೆಯೆಂದು ವರದಿ ಬಂತು. ಭೂಮಿ ಹಸ್ತದವರು ಆಗಲೇ ಕುರ್ಚಿ ಹೊರುವುದಕ್ಕೆ ಒಗ್ಗಿಹೋಗಿದ್ದರಿಂದ ಬದಲಾವಣೆ ಬೇಡವೆಂದು ಹಟ ಹಿಡಿದರು. ನೂರ ಎಪ್ಪತ್ತು ಜನ ಹೊರಲು ನಿಂತು, ಕುರ್ಚಿಗಳು ಸಾಲದೆ, ಒಂದು ಕುರ್ಚಿಗೆ ಮೂವರಂತೆ ಅಭ್ಯಾಸ ನಡೆಸುತ್ತಿದ್ದರು.

ಉಳಿದದ್ದು ಅಧ್ಯಕ್ಷರು. ನಿಜಗುಣ ಬಸ್ಸು ಬದಲಿಸಿ ಥಾರ್ನ್‌ಕ್ಲಿಫ್ ಪಾರ್ಕಿಗೆ ಹೋದ. ಮಲ್ಲವ್ವ ಚಹಾ ಕೊಟ್ಟರು. ಕೊಟ್ಟ ಮೇಲೆ ತಾವು ಅಗ್ನಿಯೆಂದು ನೆನಪಾಗಿ ಲೋಟ ಕುಕ್ಕಿದರು.

"ಯವ್ವಾ, ನಿಮ್ಮದೊಂದ ಕೈ ನೋಡ್ರಿ ಸರಿ ಅಳತಿ ಆಗಿದ್ದು," ಎಂದ ನಿಜಗುಣ. "ಉಳದವ್ರದು ಎಲ್ಲಾ ತಪ್ಪಾಗೇತಿ. ನನಗ ರಾಜನ ಪಾರ್ಟ್ ಬೇಕ್ರಿ. ಒಂಬತ್ತು ವರ್ಷ ಆತು. ಇನ್ನೊಂದು ವರ್ಷ ಕುರ್ಚಿ ಹೊತ್ರ ನನ್ನ ಮಾತು ನನಗ ಮರತು ಹೊಕ್ಕಾವು."

ಅವನ ಕಣ್ಣಲ್ಲಿ ನೀರಿತ್ತು. ಜಲ ಹಸ್ತದವರಿಲ್ಲದ ಕೂಟದಲ್ಲಿ ಅದನ್ನು ಗಮನಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಆದರೂ ಮಲ್ಲವ್ವ ಗಮನಿಸಿದರು.

"ನಂದ್ ಯಾಕ ಸರಿ ಆತು?"

"ಬ್ಯಾಂಡೇಜ್ ಇತ್ತಲ್ರಿ."

"ಹಂಗಾರ ಎಲ್ಲಾರೂ ಬ್ಯಾಂಡೇಜ್ ಕಟ್ಕೊರಿ! ಮುಗೀತು. ಬರಕೊ." ಅಗ್ನಿ ಹಸ್ತಕ್ಕೆ ತಕ್ಕಂತೆ ತೀರ್ಮಾನ ಎರಡು ಸೆಕೆಂಡಿನಲ್ಲಿ ಆಯಿತು, ಮೂರನೇ ಸೆಕೆಂಡಿಗೆ ಅವರಿಗೆ ವಿಷಯವೇ ಬೇಸರವಾಗಿ ಟಿವಿ ಹಾಕಿದರು.

ರಘುನಾಥರಿಗೆ ಇದು ಬಹಳ ಹಿಡಿಸಿತು. ತಪ್ಪಾಗಿದೆ ಎಂದು ಹೇಳುವ ಅಗತ್ಯವೇ ಬೀಳಲಿಲ್ಲ. ಮರುದಿನ ಪ್ರಕಟಣೆ ಹೊರಟಿತು: 'ಮರು ಅಳತೆ ಬಯಸುವವರು ಹೆಬ್ಬೆರಳಿಗೆ ಕೂಟದ ಮೊಹರುಳ್ಳ ಬ್ಯಾಂಡೇಜು ಕಟ್ಟಿಕೊಂಡು ಬರತಕ್ಕದ್ದು. ಸ್ವಂತ ಬ್ಯಾಂಡೇಜು ಮಾನ್ಯವಲ್ಲ. ಒಮ್ಮೆ ಕಟ್ಟಿದ ಬ್ಯಾಂಡೇಜನ್ನು ರಾಜ್ಯೋತ್ಸವ ಮುಗಿಯುವವರೆಗೆ ಬಿಚ್ಚಕೂಡದು. ಉಗುರು ಇದ್ದವರು ಇದ್ದಂತೆಯೇ ಬರಬಹುದು.' ಕೊನೆಯ ವಾಕ್ಯ ಪ್ರಕಟಣಾ ವಿಭಾಗದ್ದು. ಮೊಹರುಳ್ಳ ಬ್ಯಾಂಡೇಜು ರಘುನಾಥರ ಬೇಸ್‌ಮೆಂಟಿನಲ್ಲಿ ಮಾತ್ರ ಸಿಗುತ್ತಿತ್ತು.

ಹಟ ಹಿಡಿದಿದ್ದ ಭೂಮಿಯವರು ಪಕ್ಕದ ಮನೆಯವನು ಅಗ್ನಿಯಾದನೆಂದು ಕೇಳಿ, ಒಬ್ಬೊಬ್ಬರಾಗಿ ಬಂದು ಕಟ್ಟಿಸಿಕೊಂಡರು. ಹೊಸ ಪಟ್ಟಿಯಲ್ಲಿ ಜಲ ಇಪ್ಪತ್ತನಾಲ್ಕು, ಅಗ್ನಿ ನೂರ ಅರವತ್ತೇಳು, ವಾಯು ಹದಿನೇಳು, ಭೂಮಿ ನಾಲ್ಕು. ಅಗ್ನಿಯವರೆಲ್ಲರೂ ರಾಜನ ಪಾತ್ರ ಕೇಳಿದರು. ಎರಡು ದಿನ ಗದ್ದಲವೆದ್ದಿತು. ಮೂರನೇ ದಿನ ಅವರ ಸ್ವಭಾವದಂತೆ ಎಲ್ಲರಿಗೂ ಬೇಸರ ಬಂತು. ಮಾತು ಬಾಯಿಪಾಠ ಇದ್ದವನು ನಿಜಗುಣ ಒಬ್ಬನೇ. ಪಾತ್ರ ಅವನಿಗೆ ಸಿಕ್ಕಿತು. ಅಂದು ಅವನು ಗರಗಸದ ಯಂತ್ರ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಒಂದು ಮಾತು ಹೇಳಿದ. ಕಾರ್ಖಾನೆಯ ಇಟಾಲಿಯನ್ ಮುದುಕರು ಏನೂ ತಿಳಿಯದೆ ಚಪ್ಪಾಳೆ ಹೊಡೆದರು.

ನವೆಂಬರಿನ ಆ ಶನಿವಾರ ಸಭಾಂಗಣ ತುಂಬಿತ್ತು. ಕುರ್ಚಿಗಳು ಹಿಂದಿನ ಕೋಣೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ಹೊರಬೇಕಾದ ಭೂಮಿ ಹಸ್ತದವರು ನಾಲ್ವರೇ. ನಾಲ್ವರೂ ಐನೂರು ಜನರ ಬಿಸಿಬೇಳೆಬಾತಿನ ಮುಂದಿದ್ದರು. ಅಗ್ನಿಯವರು ಕುರ್ಚಿ ಮುಟ್ಟುವಂತಿಲ್ಲ. ಬ್ಯಾಂಡೇಜು ಕಟ್ಟಿದ ಕೈಯಲ್ಲಿ ಮುಟ್ಟಲು ಬರುವಂತೆಯೂ ಇರಲಿಲ್ಲ. ಜಲದವರು ನಿಂತವರನ್ನು ನೋಡಿ ಕಣ್ಣೊರೆಸಿಕೊಂಡರು. ವಾಯುವಿನವರು ಕುರ್ಚಿ ಯಾಕಿಲ್ಲ ಎಂಬುದನ್ನು ಮೈಕಿನಲ್ಲಿ ನಲವತ್ತು ನಿಮಿಷ ವಿವರಿಸಿದರು.

"ಸಿಂಹಾಸನ?" ಎಂದು ಕೇಳಿದ ನಿಜಗುಣ, ಪರದೆಯ ಹಿಂದೆ, ಕಿರೀಟದಲ್ಲಿ.

"ವ್ಯಾನಲ್ಲೇ ಇದೆ," ಎಂದರು ರಘುನಾಥರು. "ನೀವಂತೂ ತರೋಹಾಗಿಲ್ಲ. ನೀವು ಅಗ್ನಿ."

ಪರದೆ ಎದ್ದಿತು. ನಿಜಗುಣ ಬರಿಯ ವೇದಿಕೆಯ ನಡುವೆ ನಿಂತ. ದಪ್ಪ ಹೆಬ್ಬೆರಳಿನಿಂದ ಕತ್ತಿ ಹಿಡಿಯಲಾಗದೆ ಕಂಕುಳಲ್ಲಿ ಇಟ್ಟುಕೊಂಡಿದ್ದ. ಎದುರಿಗೆ ಐನೂರು ಜನ, ಒಬ್ಬರೂ ಕೂತಿಲ್ಲ. ಅವನಿಗೆ ಕುರ್ಚಿಯ ಸಂಗತಿ ಮರೆತೇ ಹೋಯಿತು. ಇಷ್ಟು ಜನ ತನ್ನನ್ನು ಕಂಡು ಎದ್ದು ನಿಂತಿದ್ದಾರೆ ಎಂದುಕೊಂಡ. ಎದೆ ತುಂಬಿ, ಒಂಬತ್ತು ವರ್ಷದ ಮಾತುಗಳೆಲ್ಲ ಒಂದೂ ತಪ್ಪದೆ ಬಂದವು. ಜನ ಕೂಡ ಸುತ್ತ ನೋಡಿ, ಎಲ್ಲರೂ ನಿಂತಿರುವಾಗ ತಾವೂ ಗೌರವಕ್ಕೇ ನಿಂತಿರಬೇಕೆಂದು ತಿಳಿದರು. ಊಟಕ್ಕೂ ಯಾರೂ ಕೂರಲಿಲ್ಲ.

ಸಭೆಯ ನಡವಳಿಯಲ್ಲಿ ಈ ರೀತಿ ದಾಖಲಾಗಿದೆ: 'ಶ್ರೀ ನಿಜಗುಣ ಅವರ ಅಭಿನಯಕ್ಕೆ ಎಲ್ಲ ಸಭಿಕರು ಮೊದಲಿನಿಂದ ಕೊನೆಯವರೆಗೆ ಎದ್ದು ನಿಂತು ಗೌರವ ಸಲ್ಲಿಸಿದರು. ಕೂಟದ ಇತಿಹಾಸದಲ್ಲಿ ಇದೇ ಮೊದಲು. ಈ ಸತ್ಸಂಪ್ರದಾಯವನ್ನು ಮುಂದುವರಿಸುವ ಸಲುವಾಗಿ ಕೂಟದ ಎಲ್ಲ ಕುರ್ಚಿಗಳನ್ನು ಮಾರಾಟ ಮಾಡಲು ತೀರ್ಮಾನಿಸಲಾಯಿತು.'

ಪ್ರಸ್ತಾವಕ್ಕೆ ಅನುಮೋದನೆ ಕೊಟ್ಟವನು ನಿಜಗುಣ. ವಿರೋಧ ಬರಲಿಲ್ಲ.