ಕೆಳಕ್ಕೆ ಇಳಿದ ಎಣ್ಣೆ ಕಂಬ

ನನಗೆ ಒಳ್ಳೆಯದು ಆಗಬೇಕಾದರೆ ಮೊದಲು ಕೈಕಾಲು ನಡುಗಿಯೇ ಆಗಬೇಕು. ಮದುವೆ, ಕೆಲಸ, ಹೆರಿಗೆ, ಸ್ಕೂಟರ್ ಕಲಿತದ್ದು, ಎಲ್ಲವೂ ಹಾಗೇ ಆಗಿವೆ. ಆದರೆ ನಾನು ಅತಿ ಹೆಚ್ಚು ಹೆದರಿದ್ದು ತೊಂಬತ್ತೊಂಬತ್ತರ ಕೊನೆಯಲ್ಲಿ, ಸೇಲಂನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ, ಒಂದು ನೀಲಿ ಕಂಬವನ್ನು ನೋಡಿ.

೧. ವಯರು ಎಲ್ಲಿಗೆ ಹೋಗುತ್ತದೆ

ತಮಿಳುನಾಡಿನ ಪಾಲಕೋಡಿನಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ನನ್ನ ಕಂಪ್ಯೂಟರ್ ಕೋರ್ಸು ಆರು ತಿಂಗಳದ್ದು, ಫೀಸು ಎರಡು ಕಂತು. ಮೊದಲ ಕಂತು ಕಟ್ಟುವಾಗಲೇ ಅಪ್ಪ ಹೇಳಿದ್ದರು: "ಮೂರು ತಿಂಗ್ಳು ನೋಡ್ತೀನಿ. ನಮ್ ಅಂಗ್ಡೀಗೆ ಉಪಯೋಗ ಆಗೋದು ಏನಾರ ಒಂದು ಮಾಡಿ ತೋರ್ಸು, ಎರಡ್ನೇ ಕಂತು ಕಟ್ತೀನಿ. ಇಲ್ಲಾಂದ್ರೆ ಮನೇಲಿರು." ಮನೆಯಲ್ಲಿರು ಎಂದರೆ ಏನರ್ಥ ಎಂದು ನನಗೆ ಗೊತ್ತಿತ್ತು. ಕೊಳತ್ತೂರಿನ ಕಡೆಯಿಂದ ಒಂದು ಜಾತಕ ಆಗಲೇ ಬಂದು ದೇವರ ಪಟದ ಹಿಂದೆ ಕೂತಿತ್ತು.

ಹಾಗಾಗಿ ಅಂಗಡಿಯ ದಿನಪುಸ್ತಕ ಕೇಳಿದೆ. ಅಪ್ಪ ಪ್ರತಿ ಮಾರಾಟವನ್ನೂ ಬರೆಯುವವರು. ತಾರೀಕು, ಸಾಮಾನು, ಎಷ್ಟು, ಏನು ರೇಟು, ಕೊಂಡವರು ಯಾರು. ನಗದಿಗೆ ಕೊಂಡವರ ಹೆಸರು ಯಾಕಪ್ಪಾ ಎಂದರೆ, "ನಾಳೆ ಬಂದಾಗ ಹೆಸ್ರಿಡ್ದು ಕರೆಯಾಕೆ" ಎನ್ನುತ್ತಿದ್ದರು.

ಪುಸ್ತಕವನ್ನು ಕೊಡುವ ಮೊದಲು ಅವರು ಗಂಭೀರವಾಗಿ ಕೇಳಿದರು: "ಆ ಪೆಟ್ಟಿಗೆಯಿಂದ ಒಂದು ವಯರು ಓಗುತ್ತಲ್ಲ, ಅದು ಎಲ್ಲಿಗೋಗುತ್ತೆ?"

"ಗೋಡೆಗೆ, ಕರೆಂಟಿಗೆ."

"ಗೋಡೆ ಆಚೆ ಯಾವ ಆಫೀಸು?"

ಗೋಡೆಯ ಆಚೆ ಟೈಲರ್ ಅಂಗಡಿ ಎಂದು ಹೇಳಿದ ಮೇಲೂ ಅಪ್ಪ ನಂಬಲಿಲ್ಲ. ಮುಂದಿನ ವಾರ ಸೇಲಂಗೆ ಸರಕಿಗೆ ಹೋದಾಗ ಆ ಟೈಲರ್ ಹತ್ತಿರ ಒಂದು ಅಂಗಿಗೆ ಅಳತೆ ಕೊಟ್ಟು, ಅವನಿಗೂ ಸೇಲ್ಸ್ ಟ್ಯಾಕ್ಸಿಗೂ ಸಂಬಂಧವಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದರು. ಅಂಗಿ ಬಿಗಿಯಾಯಿತು, ಪುಸ್ತಕ ನನಗೆ ಸಿಕ್ಕಿತು.

೨. ಬೆಂಕಿಪೊಟ್ಟಣ ಗೆದ್ದಿತು

ಮೂರು ತಿಂಗಳ ಮಾರಾಟವನ್ನು ಎಕ್ಸೆಲ್ಲಿನಲ್ಲಿ ಟೈಪ್ ಮಾಡಿದೆ, ಒಂದು ಮಾರಾಟಕ್ಕೆ ಒಂದು ಸಾಲು. ಅಪ್ಪ ಬರೆದದ್ದರ ಪಕ್ಕದಲ್ಲಿ ನಾನು ಇನ್ನೆರಡು ಕಾಲಂ ಹಾಕಿದೆ: ಅಸಲು ಮತ್ತು ಲಾಭ. ಮಾರಿದ ರೇಟಿನಲ್ಲಿ ಅಸಲು ಕಳೆದು ಅಳತೆಯಿಂದ ಗುಣಿಸಿದರೆ ಲಾಭ. ಟೈಪ್ ಮಾಡುವಾಗ ಕೈ ಕೆಲಸ ಮಾಡಿತೇ ಹೊರತು ತಲೆಯಲ್ಲ. ಯಾವ ಸಾಮಾನು, ಯಾವ ರೇಟು, ಏನನ್ನೂ ನೋಡಲಿಲ್ಲ.

ಆ ವರ್ಷ ಸೆಂಟರಿಗೆ ಹೊಸ ಎಕ್ಸೆಲ್ ಬಂದಿತ್ತು. ಅದರಲ್ಲಿ ಪಿವಟ್ ಚಾರ್ಟ್ ಎಂಬ ಹೊಸ ಸಂಗತಿ. ಸಾವಿರಾರು ಸಾಲುಗಳನ್ನು ಕೊಟ್ಟರೆ ಅದು ಸಾಮಾನುವಾರು ಒಟ್ಟುಗೂಡಿಸಿ ಒಂದು ಹಾಳೆಯಲ್ಲಿ ಪಟ್ಟಿ ಮಾಡುತ್ತದೆ, ಇನ್ನೊಂದು ಹಾಳೆಯಲ್ಲಿ ಕಂಬಗಳನ್ನು ನಿಲ್ಲಿಸುತ್ತದೆ. ಖಾಲಿ ಚೌಕಟ್ಟು ಬಂದ ಮೇಲೆ ಸಾಮಾನು ಎಂಬ ಗುಂಡಿಯನ್ನು ಎಳೆದು ಕೆಳಗೆ ಬಿಡಬೇಕು, ಲಾಭ ಎಂಬುದನ್ನು ಎಳೆದು ನಡುವೆ ಬಿಡಬೇಕು. ಬಿಟ್ಟೆ. ಕಂಬಗಳು ದಡದಡನೆ ಎದ್ದವು. ಎಲ್ಲಕ್ಕಿಂತ ಎತ್ತರ ಬೆಂಕಿಪೊಟ್ಟಣ.

ಬೆಂಕಿಪೊಟ್ಟಣದಲ್ಲಿ ಇಷ್ಟು ಲಾಭ ಬರುತ್ತಿದ್ದರೆ ನಾವು ಯಾಕೆ ಇನ್ನೂ ಬಾಡಿಗೆ ಮನೆಯಲ್ಲಿದ್ದೇವೆ? ಮೇಷ್ಟ್ರನ್ನು ಕರೆದೆ. ಅವರು ಸೇಲಂನ ತಮಿಳಿನವರು; ಅವರ ಮಾತನ್ನೂ ಅವರೊಂದಿಗೆ ನಾವಾಡಿದ ತಮಿಳನ್ನೂ ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಮೇಲಿನ ಗುಂಡಿ ತೋರಿಸಿದರು. ಅಲ್ಲಿ 'ಕೌಂಟ್ ಆಫ್ ಲಾಭ' ಎಂದಿತ್ತು.

"ಇದು ಲಾಭವನ್ನು ಕೂಡಿಲ್ಲಮ್ಮಾ, ಎಷ್ಟು ಸಲ ಮಾರಿದ್ದೀರಿ ಅಂತ ಎಣಿಸಿದೆ. ಲಾಭದ ಕಾಲಂನಲ್ಲಿ ಎಲ್ಲೋ ಒಂದು ಮನೆ ಖಾಲಿ ಬಿಟ್ಟಿದ್ದೀಯ. ಒಂದು ಖಾಲಿ ಸಿಕ್ಕರೂ ಸಾಕು, ಇದು ಕೂಡುವುದನ್ನು ಬಿಟ್ಟು ಎಣಿಸಲು ಶುರು ಮಾಡುತ್ತದೆ."

ಹುಡುಕಿದರೆ ನಿಜ. ದಿನಪುಸ್ತಕದ ಒಂದು ಸಾಲಿನ ಮೇಲೆ ಅಪ್ಪ ಕಾಫಿ ಲೋಟ ಇಟ್ಟಿದ್ದರು. ರೇಟು ಅಳಿಸಿತ್ತು, ಲಾಭದ ಮನೆಯನ್ನೂ ನಾನು ಖಾಲಿ ಬಿಟ್ಟಿದ್ದೆ. ಅಪ್ಪನ ಒಂದು ಲೋಟ ಕಾಫಿ ಬೆಂಕಿಪೊಟ್ಟಣವನ್ನು ಅಂಗಡಿಗೆ ಯಜಮಾನ ಮಾಡಿತ್ತು.

೩. ನೆಲದ ಕೆಳಗಿನ ಕಂಬ

ಮೇಷ್ಟ್ರು ಹೇಳಿದಂತೆ ಆ ಗುಂಡಿಯನ್ನು ಎರಡು ಸಲ ಒತ್ತಿ ಕೌಂಟ್ ತೆಗೆದು ಸಮ್ ಇಟ್ಟೆ. ಬೆಂಕಿಪೊಟ್ಟಣ ಇರುವೆಯಷ್ಟಾಯಿತು. ಬೇಳೆ ಎದ್ದಿತು, ಸೋಪು ಎದ್ದಿತು, ಬೆಲ್ಲ ಎದ್ದಿತು. ಒಂದೇ ಒಂದು ಕಂಬ ಗೆರೆಯಿಂದ ಕೆಳಕ್ಕೆ ಇಳಿಯಿತು. ಕಡ್ಲೆಕಾಯಿ ಎಣ್ಣೆ.

ನಮ್ಮ ಅಂಗಡಿಯ ಹೆಸರೇ ಎಣ್ಣೆ ಅಂಗಡಿ. ಅಪ್ಪ ಬೇರೆ ಯಾವುದರ ಬಗ್ಗೆ ಏನಂದರೂ ಸಹಿಸುತ್ತಾರೆ, ಎಣ್ಣೆಯ ಬಗ್ಗೆ ಅಲ್ಲ. ಅಂಗಡಿಗೆ ಉಪಯೋಗ ಆಗುವುದನ್ನು ತೋರಿಸು ಎಂದಿದ್ದರು. ನಾನು ಅವರೇ ತಪ್ಪು ಮಾಡುತ್ತಿದ್ದಾರೆ ಎಂದು ತೋರಿಸಬೇಕಾಗಿ ಬಂದಿತ್ತು. ಅದೂ ಅವತ್ತೇ, ಯಾಕೆಂದರೆ ಹನ್ನೊಂದು ಗಂಟೆಗೆ ಅಪ್ಪ ನೋಡಲು ಬರುವವರಿದ್ದರು.

ಲೆಕ್ಕ ತಪ್ಪಿರಬಹುದೆಂದು ಮತ್ತೆ ಮಾಡಿದೆ. ಹದಿನೈದು ಕಿಲೋ ಟಿನ್ನಿಗೆ ಆರುನೂರ ಎಪ್ಪತ್ತೆರಡು ರೂಪಾಯಿ. ಎಣ್ಣೆ ನೀರಿಗಿಂತ ಹಗುರ, ಆದ್ದರಿಂದ ಲೀಟರಿನಲ್ಲಿ ಅಳೆದರೆ ಹದಿನಾರು ಚಿಲ್ಲರೆ ಬರುತ್ತದೆ. ಟಿನ್ನಿಗೆ ಅಂಟಿದ್ದು, ಸೋರಿದ್ದು ಕಳೆದರೆ ಹದಿನಾರು. ಲೀಟರಿಗೆ ನಲವತ್ತೆರಡು ಅಸಲು. ಮಾರುವುದು ನಲವತ್ತೈದಕ್ಕೆ. ಮೂರು ರೂಪಾಯಿ ಉಳಿಯಲೇಬೇಕು. ಆಗ ಮೊದಲ ಹಾಳೆಗೆ ಹೋಗಿ ನೋಡಿದೆ. ಎಣ್ಣೆಯ ಪ್ರತಿ ಹತ್ತು ಸಾಲಿನಲ್ಲಿ ಎಂಟರಲ್ಲಿ ನಲವತ್ತೈದಲ್ಲ, ನಲವತ್ತು.

ಯಾಕೆಂದು ಯೋಚಿಸುವಷ್ಟು ಧೈರ್ಯ ಇರಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷ. ನಾನೊಂದು ಕಳ್ಳ ಕೆಲಸ ಮಾಡಿದೆ. ನಲವತ್ತನ್ನೆಲ್ಲ ನಲವತ್ತೈದು ಮಾಡಿಬಿಟ್ಟೆ. ಲಾಭದ ಕಾಲಂ ತಾನಾಗಿ ಏರಿತು. ಚಾರ್ಟಿಗೆ ಓಡಿಬಂದೆ.

ಕಂಬ ಕೆಳಗೇ ಇತ್ತು. ಮತ್ತೆ ಹೋಗಿ ನೋಡಿದೆ, ಸಾಲುಗಳಲ್ಲಿ ಲಾಭ. ಮತ್ತೆ ಬಂದೆ, ಕಂಬದಲ್ಲಿ ನಷ್ಟ. ನನ್ನ ಕಳ್ಳತನ ಕಂಪ್ಯೂಟರಿಗೆ ಗೊತ್ತಾಗಿಬಿಟ್ಟಿದೆ ಎಂದೇ ನಂಬಿ, ಮಾನಿಟರಿಗೆ ಕೈಮುಗಿದೆ. ಕೈಮುಗಿದು ತಿರುಗಿದರೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅಪ್ಪ, ಬಿಗಿ ಅಂಗಿಯಲ್ಲಿ.

೪. ನಮ್ಮೋರು

ಅಪ್ಪ ಕುರ್ಚಿಯ ತುದಿಯಲ್ಲಿ ಕೂತರು. ಮೇಷ್ಟ್ರು ಉತ್ಸಾಹದಿಂದ ಒಂದೊಂದು ಕಂಬ ವಿವರಿಸಿದರು. ಅಪ್ಪ ತಲೆಯಾಡಿಸುತ್ತಿದ್ದವರು ಎಣ್ಣೆಗೆ ಬಂದು ನಿಂತರು.

"ಇದೊಂದು ಯಾಕೆ ಬಾವಿಗೆ ಇಳ್ದೈತೆ?"

"ಅದರಲ್ಲಿ ನಷ್ಟ, ಸಾರ್."

ಅಪ್ಪನ ಕಿವಿ ಕೆಂಪಾಯಿತು. "ಎಣ್ಣೇಲಿ? ನನಗೆ? ನಿಮ್ ಮಿಷನ್ ಕೆಟ್ಟೋಗೈತೆ."

"ಮಿಷನ್ ಸುಮ್ಮನೆ ಹೇಳಲ್ಲ ಸಾರ್, ಸಾಕ್ಷಿ ಕೊಡುತ್ತೆ" ಎಂದು ಮೇಷ್ಟ್ರು ಪಟ್ಟಿಯ ಹಾಳೆಗೆ ಹೋಗಿ ಎಣ್ಣೆಯ ಅಂಕಿಯ ಮೇಲೆ ಎರಡು ಸಲ ಒತ್ತಿದರು. ಒಂದು ಹೊಸ ಹಾಳೆ ತೆರೆದುಕೊಂಡಿತು, ಎಣ್ಣೆ ಮಾರಿದ ಸಾಲುಗಳು ಮಾತ್ರ. ಹೆಚ್ಚಿನವುಗಳಲ್ಲಿ ಹಳೆಯ ನಲವತ್ತೇ. ನಾನು ನಲವತ್ತೈದು ಮಾಡಿದ್ದು ಎಲ್ಲಿ ಹೋಯಿತೆಂದು ಬೆವರುತ್ತ ನಿಂತೆ.

"ನಲ್ವತ್ತು ನಾನೇ ಆಕಿರೋದು" ಎಂದರು ಅಪ್ಪ. "ಟಿನ್ನು ಅಗ್ಗ ಇದ್ದಾಗ ಇಟ್ಟ ರೇಟು. ನಮ್ಮೋರಿಗೆ ಏರ್ಸಿಲ್ಲ. ಈ ತಮಿಳು ಊರಾಗೆ ನಮ್ ಮಾತಾಡ್ಕಂಡು ಬಂದೋರ್ಗೆ ಅಷ್ಟಾದ್ರೂ ಮಾಡ್ಬ್ಯಾಡ್ವಾ? ಇರೋದೇ ನಾಲ್ಕು ಮನೆ."

ಮೇಷ್ಟ್ರು ಪಟ್ಟಿಯನ್ನು ಕೆಳಕ್ಕೆ ಎಳೆದರು. ಅದು ಮುಗಿಯಲಿಲ್ಲ. ಅಪ್ಪ ನನ್ನಿಂದ ಹೆಸರು ಓದಿಸಿಕೊಂಡು ತಾವೇ ಗುರುತು ಹೇಳತೊಡಗಿದರು. "ಸೈಕಲ್ ಅಂಗ್ಡಿ ಭಾಯಿ, ನಮ್ಮೋರು. ಟೀ ಅಂಗ್ಡಿ ಕೇರಳದೋರು, ನಮ್ಮೋರು. ತಿರುನೆಲ್ವೇಲಿ ಏಟು, ಅದೇ ಪೋಲೀಸ್ ಎಡ್ ಕಾನ್‌ಸ್ಟೇಬಲ್ಲು..." ಅಲ್ಲಿಗೆ ಧ್ವನಿ ಸ್ವಲ್ಪ ಇಳಿಯಿತು.

"ಏಟು ಕನ್ನಡದವರಾ?" ಎಂದರು ಮೇಷ್ಟ್ರು.

"ಮಾತಾಡ್ತಾರೆ."

"ಏನು ಮಾತಾಡ್ತಾರೆ?"

"'ಅಣ್ಣಾ, ಚೆನ್ನಾಗಿದೀರಾ? ಎಣ್ಣೆ ಎರಡು ಲೀಟ್ರು ಕೊಡಿ' ಅಂತಾರೆ."

"ಭಾಯಿ?"

ಅಪ್ಪ ಬಿಗಿ ಅಂಗಿಯ ಕಾಲರು ಎಳೆದುಕೊಂಡರು. "'ಅಣ್ಣಾ, ಚೆನ್ನಾಗಿದೀರಾ? ಎಣ್ಣೆ ಎರಡು ಲೀಟ್ರು ಕೊಡಿ.'"

"ಅದಾದ ಮೇಲೆ?"

"ಅದಾದ್ಮೇಲೆ... ಎಲ್ಲಾ ತಮಿಳೇ."

ಪಕ್ಕದ ಕಂಪ್ಯೂಟರಿನ ಹುಡುಗಿಯರು ಕರ್ಚೀಫು ಬಾಯಿಗೆ ತುರುಕಿಕೊಂಡರು. ಅಪ್ಪ ನಗಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಯಾವುದಕ್ಕೋ ಮೊದಲ ಹಾಳೆಗೆ ಹೋದರು, ಅಲ್ಲಿ ನಲವತ್ತೈದುಗಳನ್ನು ಕಂಡರು, ನನ್ನ ಮುಖ ನೋಡಿದರು. "ಓ. ಸಾಲು ಬದಲಿಸಿದರೆ ಸಾಲದಮ್ಮಾ. ಪಿವಟ್ಟು ಮಾಡಿದ ಹೊತ್ತಿನ ಲೆಕ್ಕದ ಒಂದು ಪ್ರತಿಯನ್ನು ಅದು ತನ್ನ ಹತ್ತಿರ ಇಟ್ಟುಕೊಂಡಿರುತ್ತೆ. ರಿಫ್ರೆಶ್ ಒತ್ತುವವರೆಗೂ ಅದೇ" ಎಂದು ಕೆಂಪು ಆಶ್ಚರ್ಯಚಿಹ್ನೆಯ ಗುಂಡಿ ಒತ್ತಿದರು. ಎಣ್ಣೆ ಕಂಬ ಬಾವಿಯಿಂದ ಎದ್ದು ಬೇಳೆಯ ಪಕ್ಕದಲ್ಲಿ ನಿಂತಿತು.

ಅಪ್ಪ ಗಾಬರಿಯಾಗಿ ಎದ್ದು ನಿಂತರು. "ಇಷ್ಟೇನಾ? ಇದನ್ನ ಮೊದ್ಲೇ ಒತ್ತಾಕಾಗ್ತಿರ್ಲಿಲ್ವಾ?"

ಆಗ ನಾನು ಒಪ್ಪಿಕೊಳ್ಳಲೇಬೇಕಾಯಿತು. ರೇಟು ತಿದ್ದಿದ್ದು ನಾನು, ಭಯಕ್ಕೆ ತಿದ್ದಿದೆ ಎಂದೆ. ಅಪ್ಪ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಪ್ಪಲಿಯ ಕಡೆ ಒಂದು ಹೆಜ್ಜೆ ಇಟ್ಟರು. ಮೂರು ತಿಂಗಳು, ದಿನಕ್ಕೆ ಎರಡು ಬಸ್ಸು, ಸಾವಿರಾರು ಸಾಲು, ಎಲ್ಲವೂ ದೇವರ ಪಟದ ಹಿಂದಿನ ಜಾತಕದ ಕಡೆಗೆ ನಡೆಯುತ್ತಿರುವಂತೆ ನನಗೆ ಅನ್ನಿಸಿತು. ತಮಿಳು ಶಾಲೆಗೆ ಸೇರಿದಾಗಿನಿಂದ ನಾನು ಮನೆಯಲ್ಲೂ ಅಪ್ಪನಿಗೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದವಳು. ಅವತ್ತು ಬಾಯಿಂದ ಬಂದದ್ದು ಕನ್ನಡ.

"ಅಪ್ಪಾ, ನನ್ನ ಬಿಡಿಸ್ಬ್ಯಾಡಪ್ಪಾ. ಇನ್ನು ಮೂರೇ ತಿಂಗ್ಳು. ನಾನು ಓದ್ತೀನಿ."

ಅಪ್ಪ ನಿಂತರು. ತಿರುಗಿ ನನ್ನ ಕಡೆ ನೋಡಿದರು. ಆಮೇಲೆ ಬಿಗಿ ಅಂಗಿಯ ಜೇಬಿನಿಂದ ಕಷ್ಟಪಟ್ಟು ಫೀಸಿನ ಕವರನ್ನು ಎಳೆಯುತ್ತ ಮೇಷ್ಟ್ರಿಗೆ ಹೇಳಿದರು:

"ನೋಡಿದ್ರಾ ಸಾರ್, ಇವ್ಳಿಗೂ ಗೊತ್ತಾಗೋಯ್ತು ನನ್ ಹತ್ರ ಎಂಗೆ ಕೇಳ್ಬೇಕು ಅಂತ."