ಅರ್ಧ ನಿಂತು, ಅರ್ಧ ಮಲಗಿ ಮಾಡಿದ ಸ್ವಾಗತ ಭಾಷಣ

ಮೈಕು ಕಂಡರೆ ಕೆಲವರಿಗೆ ನಾಲಿಗೆ ಚುರುಕಾಗುತ್ತದೆ. ನನಗೆ ಕಾಲು ಚುರುಕಾಗುತ್ತದೆ. ಎತ್ತಲಾದರೂ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ. ಹೆರಿಗೆ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚಗಳಲ್ಲಿ ಒಟ್ಟಿಗೇ ಕೂಸುಗಳು ಹುಟ್ಟಿದಾಗಲೂ ಕೈ ನಡುಗದ ಹೆಂಗಸು ನಾನು. ಚಾಮರಾಜಪೇಟೆಯ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾ ಹೇಳುತ್ತಾ ತಲೆ ಬೆಳ್ಳಗಾಗಿದೆ. ತರಗತಿಯಲ್ಲಿ ನನ್ನ ದನಿಗೆ ಕಿಟಕಿಯ ಮೇಲಿನ ಪಾರಿವಾಳಗಳು ಹಾರಿಹೋಗುತ್ತವೆ. ಮಕ್ಕಳ ಕೈ ಹಿಡಿದು ಉಗುರು ನೋಡದೆ ವಾರ್ಡಿಗೆ ಬಿಡುವುದಿಲ್ಲವಾದ್ದರಿಂದ ‘ಉಗುರು ಮೇಡಂ’ ಎಂಬ ಬಿರುದೂ ಉಂಟು. ಇಷ್ಟೆಲ್ಲ ಇದ್ದೂ ವೇದಿಕೆ, ಹೂಗುಚ್ಛ, ಹಣತೆ, ಎದುರಿಗೆ ಅಪ್ಪ ಅಮ್ಮಂದಿರ ಸಾಲು ಕಂಡರೆ ಸಾಕು, ನನ್ನ ಕಣ್ಣು ಬಾಗಿಲು ಹುಡುಕತೊಡಗುತ್ತದೆ.

ಪ್ರತಿ ವರ್ಷ ಹೊಸ ಬ್ಯಾಚಿನ ಮೊದಲ ದಿನ ಸ್ವಾಗತ ಭಾಷಣ ಮಾಡುವುದು ನಮ್ಮ ಪ್ರಾಂಶುಪಾಲರ ಹಕ್ಕು. ಅವರು ಅದನ್ನು ಬಹಳ ಚೆನ್ನಾಗಿ ಮಾಡುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಕೂತು ಚೆನ್ನಾಗಿ ಚಪ್ಪಾಳೆ ತಟ್ಟುತ್ತೇನೆ. ಈ ಸಲ ಅವರಿಗೆ ಅದೇ ದಿನ ಯಾವುದೋ ತುರ್ತು ಸಭೆ ಬಿತ್ತು. ಹಿಂದಿನ ದಿನ ಸಂಜೆ ನನ್ನನ್ನು ಕರೆದು, “ವಿಮಲಾ, ನಾಳೆ ನೀವೇ ಮಾತಾಡ್ಬಿಡಿ. ಅನುಕಂಪ, ಶಿಸ್ತು, ಇವೆರಡನ್ನೂ ಒತ್ತಿ ಹೇಳಿ, ಅಷ್ಟೆ” ಅಂದರು. ಆ ‘ಅಷ್ಟೆ’ಯನ್ನು ಹೊತ್ತುಕೊಂಡು ಶಂಕರಪುರದ ಮನೆಗೆ ನಡೆದು ಬಂದೆ. ದಾರಿಯುದ್ದಕ್ಕೂ ಬಾಯಲ್ಲಿ ಏನೋ ಮಣಮಣ. ಎದುರಿಗೆ ಸಿಕ್ಕ ತರಕಾರಿ ಗಾಡಿಯವನು ದರ ಕೇಳಿದೆನೆಂದುಕೊಂಡು “ಹುರುಳಿಕಾಯಿ ಫ್ರೆಶ್ ಇದೆ ಅಮ್ಮ” ಎಂದ.

ನನ್ನ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬಡಾವಣೆಯ ಗಣೇಶೋತ್ಸವದ ಕಾಯಂ ನಿರೂಪಕರು. ನನ್ನ ಅವಸ್ಥೆ ಕಂಡು ಅವರಿಗೆ ಹುಮ್ಮಸ್ಸು ಬಂತು. “ಶುರು ಹೀಗೆ ಮಾಡು: ಶ್ವೇತವಸ್ತ್ರಧಾರಿಣಿಯರಾದ ದೇವತೆಗಳೇ…” ಅಂದರು.

“ದೇವತೆ ಅಂದ್ಬಿಟ್ರೆ ಮುಗೀತು. ಆಮೇಲೆ ಅವರಿಗೆ ಸಂಬಳಾನೂ ಬೇಡ, ರಜಾನೂ ಬೇಡ ಅಂತಾರೆ ಜನ” ಅಂದೆ. “ಹುಡುಗರೂ ಇರ್ತಾರೆ ಕ್ಲಾಸಲ್ಲಿ. ಅವರೇನು ಸೀರೆ ಉಟ್ಕೊಂಡು ಬರ್ಬೇಕಾ?”

“ಹಾಗಾದ್ರೆ ನೀನೇ ಏನಾದ್ರೂ ಮಾಡ್ಕೋ” ಎಂದು ಅವರು ಟಿವಿ ಹಾಕಿದರು.

ಬೆಳಿಗ್ಗೆ ಎದ್ದವಳು ಕೂತಲ್ಲಿ ಕೂರಲಿಲ್ಲ. ಹಾಲು ಕಾಯಿಸುತ್ತಾ ಅನುಕಂಪ, ಪಾತ್ರೆ ಜೋಡಿಸುತ್ತಾ ಶಿಸ್ತು. ಯಜಮಾನರು ಉಪ್ಪಿಟ್ಟು ಮಾಡಿ ತಟ್ಟೆಗೆ ಹಾಕಿ ಕರೆದರು. ಒಂದು ಚಮಚ ಎತ್ತಿದೆ, ಅಷ್ಟರಲ್ಲಿ ಒಳ್ಳೆಯ ವಾಕ್ಯವೊಂದು ಹೊಳೆಯಿತು, ಚಮಚ ಇಳಿಸಿದೆ. ಗಂಜಿ ಹಾಕಿದ ಕಾಟನ್ ಸೀರೆಯನ್ನು ಬಿಗಿಯಾಗಿ ಉಟ್ಟು, ಎರಡು ಗುಟುಕು ಕಾಫಿ ಕುಡಿದು ಹೊರಟೇಬಿಟ್ಟೆ. ಉಪ್ಪಿಟ್ಟು ಅಲ್ಲೇ ಇತ್ತು. ವಾಕ್ಯ ಮಾತ್ರ ಗೇಟು ದಾಟುವಷ್ಟರಲ್ಲಿ ಮರೆತುಹೋಗಿತ್ತು.

ಕಾಲೇಜಿನ ಮೆಟ್ಟಿಲ ಬಳಿ ಒಬ್ಬ ಅಪ್ಪ, ಒಬ್ಬಳು ಮಗಳು ಜಗಳವಾಡುತ್ತಿದ್ದರು. ಜಗಳವೆಂದರೆ ಅಪ್ಪ ಆಡುತ್ತಿದ್ದರು, ಮಗಳು ನೆಲ ನೋಡುತ್ತಿದ್ದಳು. ಅಪ್ಪನ ಹೆಸರು ಕೆಂಪಣ್ಣ. ಊರು ಕನಕಪುರದ ಕಡೆಯಂತೆ, ಈಗ ಬೆಂಗಳೂರಿನಲ್ಲಿ ಸೈಟು ಕೊಡಿಸುವ ವ್ಯವಹಾರ. ಮಗಳು ಚೈತ್ರಾ. ನನ್ನನ್ನು ಕಂಡವರೇ ಕೆಂಪಣ್ಣ ಮಾರ್ಕ್ಸ್ ಕಾರ್ಡಿನ ಕವರನ್ನು ಎದೆಗೊತ್ತಿಕೊಂಡರು.

“ಮೇಡಂ, ಒರಿಜಿನಲ್ಲು ಈಗ್ಲೇ ಕೊಡಲ್ಲ. ಇವತ್ತಿನ ಪ್ರೋಗ್ರಾಂ ನೋಡ್ತೀನಿ, ಸರಿ ಅನ್ಸುದ್ರೆ ಕೊಡ್ತೀನಿ, ಇಲ್ದಿದ್ರೆ ಮಗಳ್ನ ಕರ್ಕೊಂಡು ಹೋಗ್ತೀನಿ. ಕಂಡೋರ ಹೇಲು ಉಚ್ಚೆ ಬಾಚಕ್ಕೆ ನಾನು ಮಗಳ್ನ ಓದಿಸ್ಬೇಕಾ ಅಂತ ನಮ್ಮ ನೆಂಟರೆಲ್ಲ ಕೇಳ್ತಾವ್ರೆ.”

“ಅಪ್ಪಾ, ಸುಮ್ನಿರಪ್ಪ” ಅಂದಳು ಚೈತ್ರಾ. ಕಣ್ಣು ಆಗಲೇ ಕೆಂಪಾಗಿತ್ತು.

ಬೇರೆ ದಿನವಾಗಿದ್ದರೆ ಅವರನ್ನು ಕೂರಿಸಿಕೊಂಡು ಮಾತಾಡುತ್ತಿದ್ದೆ. ಅವತ್ತು, “ಕಾರ್ಯಕ್ರಮ ನೋಡಿ ಸರ್” ಎಂದಷ್ಟೇ ಹೇಳಿ ಮೇಲಕ್ಕೆ ಓಡಿದೆ. ಒಬ್ಬಳು ಹುಡುಗಿಯ ಓದೇ ನನ್ನ ಭಾಷಣಕ್ಕೆ ನೇತುಬಿದ್ದಿದೆ ಎಂದು ತಿಳಿದ ಮೇಲಂತೂ ಒಂದು ಮೆಟ್ಟಿಲಿಗೆ ಅನುಕಂಪ, ಇನ್ನೊಂದಕ್ಕೆ ಶಿಸ್ತು ಎಂದು ಜಪಿಸತೊಡಗಿದೆ.

ಸಭಾಂಗಣ ಮೇಲಿನ ಮಹಡಿಯಲ್ಲಿ. ಮಾರುಕಟ್ಟೆ ಕಡೆಯ ಗದ್ದಲ ಬರುತ್ತದೆಂದು ಕಿಟಕಿ ಮುಚ್ಚಿದ್ದರು. ಫ್ಯಾನುಗಳು ತಿರುಗುತ್ತಿದ್ದವು, ಗಾಳಿ ಮಾತ್ರ ಬರುತ್ತಿರಲಿಲ್ಲ. ಪ್ರಾರ್ಥನೆ ಆಯಿತು, ದೀಪ ಹಚ್ಚಿದ್ದಾಯಿತು, ಉಪನ್ಯಾಸಕರ ಪರಿಚಯವಾಯಿತು. ಅಷ್ಟೂ ಹೊತ್ತು ನಾನು ನಿಂತೇ ಇದ್ದೆ. ಕೂತರೆ ಮತ್ತೆ ಏಳಲಾರೆನೇನೋ ಎಂಬ ಭಯ. ನನ್ನ ಕಿರಿಯ ಸಹೋದ್ಯೋಗಿ ರೇಖಾ, “ಮೇಡಂ, ಕೂತ್ಕೊಳ್ಳಿ ಪ್ಲೀಸ್, ನಿಮ್ಮನ್ನ ನೋಡಿ ನನಗೇ ಟೆನ್ಷನ್ ಆಗ್ತಿದೆ” ಎಂದಳು. ನಾನು ಮೈಕಿನ ಎತ್ತರ ಸರಿಮಾಡಿದೆ. ಮತ್ತೆ ಸರಿಮಾಡಿದೆ. ಅದು ಮೊದಲಿದ್ದ ಜಾಗಕ್ಕೇ ಬಂತು.

ಶಿಸ್ತಿನಿಂದ ಶುರುಮಾಡಿದೆ. ಅದು ನನ್ನ ನೆಲ, ಅಲ್ಲಿ ಕಾಲು ಜಾರುವುದಿಲ್ಲ. ಕೂದಲು ಕಾಲರಿಗೆ ತಾಗದಂತೆ ಎತ್ತಿ ಕಟ್ಟಬೇಕು. ಉಗುರು ಗಿಡ್ಡ, ಬಣ್ಣ ಇಲ್ಲ. ಉಂಗುರ, ಬಳೆ ಇಲ್ಲ, ಯಾಕೆಂದರೆ ಅವುಗಳ ಸಂದಿಯಲ್ಲಿ ಕೂತ ಕೊಳೆ ಸೋಪಿಗೂ ಸಿಗದೆ ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಹೋಗುತ್ತದೆ. ಗಡಿಯಾರಕ್ಕೆ ಸೆಕೆಂಡಿನ ಮುಳ್ಳು ಇರಲೇಬೇಕು, ನಾಡಿ ಎಣಿಸುವುದು ಅಂದಾಜಿನ ಕೆಲಸವಲ್ಲ. ಪಾಠಕ್ಕೆ ನೂರಕ್ಕೆ ಎಂಬತ್ತು ಹಾಜರಿ, ವಾರ್ಡಿನ ಕೆಲಸಕ್ಕೆ ನೂರಕ್ಕೆ ನೂರು. ತಪ್ಪಿಸಿಕೊಂಡ ದಿನವನ್ನು ಆಮೇಲೆ ತುಂಬಿಕೊಡಬೇಕು. ಸೀನಿಯರ್‌ಗಳು ರ‍್ಯಾಗಿಂಗ್ ಮಾಡಿದರೆ ನೇರವಾಗಿ ನನ್ನ ಬಳಿ ಬರಬೇಕು. ಮಕ್ಕಳು ಮೆಲ್ಲಗೆ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಳ್ಳುತ್ತಿದ್ದುದು ಕಂಡಿತು. ಹಿಂದಿನ ಸಾಲಿನಲ್ಲಿ ಕೆಂಪಣ್ಣ ತೋಳು ಕಟ್ಟಿ ಕೂತಿದ್ದರು, ತಾವು ಸೈಟು ನೋಡಲು ಬಂದ ಗಿರಾಕಿಯೆಂಬಂತೆ.

ಅನುಕಂಪದ ಹತ್ತಿರ ಬರುವ ಹೊತ್ತಿಗೆ ಬೆನ್ನಲ್ಲಿ ತಣ್ಣನೆಯ ಬೆವರು. ಕಿವಿಯಲ್ಲಿ ಜೀರುಂಡೆ. ಇದನ್ನು ಪುಸ್ತಕದಲ್ಲಿ ವರ್ಷವರ್ಷವೂ ಓದಿಸುತ್ತೇನೆ: ಖಾಲಿ ಹೊಟ್ಟೆ, ಸೆಕೆ, ಬಹಳ ಹೊತ್ತು ಅಲುಗದೆ ನಿಲ್ಲುವುದು, ಮೇಲೆ ಆತಂಕ. ಇಂಥ ಹೊತ್ತಿನಲ್ಲಿ ತಕ್ಷಣ ಕೂರಬೇಕು. ನಾನು ಮಾತ್ರ ಮೈಕಿನ ಕಂಬವನ್ನು ಬಿಗಿಯಾಗಿ ಹಿಡಿದು, “ಮಕ್ಕಳೇ, ರೋಗಿ ನಿಮಗೆ ಹೇಳಿ ಕೇಳಿ ಬೀಳೋದಿಲ್ಲ. ನೀವು ನೋಡ್ತಾ ಇರುವಾಗಲೇ…” ಎಂದೆ.

ಅಲ್ಲಿಗೆ ನಾನು ಬಿದ್ದೆ. ಮೈಕೂ ನನ್ನ ಜೊತೆ ಬಂತು.

ಕಣ್ಣು ಬಿಟ್ಟಾಗ ಮೇಲೆ ಫ್ಯಾನು, ಅದರ ಸುತ್ತ ಮುಖಗಳು. ಯಾರೋ ತಾಯಿ ನನ್ನ ಅಂಗೈಯಲ್ಲಿ ಬೀಗದ ಕೈ ಗೊಂಚಲು ಒತ್ತುತ್ತಿದ್ದರು. ಒಬ್ಬ ಹುಡುಗ “ಈರುಳ್ಳಿ ಯಾರತ್ರ ಇದೆ, ಈರುಳ್ಳಿ?” ಎಂದು ಕೂಗುತ್ತಿದ್ದ, ಸ್ವಾಗತ ಸಮಾರಂಭಕ್ಕೆ ಜನ ಈರುಳ್ಳಿ ಹಿಡಿದೇ ಬಂದಿರುತ್ತಾರೆಂಬಂತೆ. ಇನ್ನೊಬ್ಬ ಬಾಟಲಿಯ ಮುಚ್ಚಳ ತಿರುಗಿಸಿ ನನ್ನ ಬಾಯಿಯತ್ತ ಬಗ್ಗಿದ. ಆ ಬಾಟಲಿ ಕಂಡದ್ದೇ ನನಗೆ ಎಲ್ಲಿಲ್ಲದ ಶಕ್ತಿ ಬಂತು.

“ನೀರು ಹಾಕ್ಬೇಡ!” ಎಂದೆ ಮಲಗಿದಲ್ಲಿಂದಲೇ. ಮೈಕು ಪಕ್ಕದಲ್ಲಿ ಬಿದ್ದು ಇನ್ನೂ ಜೀವಂತವಿತ್ತು; ನನ್ನ ದನಿ ಸಭಾಂಗಣವನ್ನೆಲ್ಲ ತುಂಬಿತು. “ಪ್ರಜ್ಞೆ ಪೂರ್ತಿ ಬರೋವರೆಗೆ ಬಾಯಿಗೆ ಏನೂ ಹಾಕ್ಬಾರ್ದು. ಶ್ವಾಸಕೋಶಕ್ಕೆ ಹೋಗುತ್ತೆ. ಹಿಂದೆ ಸರೀರಿ ಎಲ್ಲ, ಗಾಳಿ ಬಿಡಿ. ಕಿಟಕಿ ತೆಗೀರಿ. ಯಾರಾದ್ರೂ ಒಬ್ರು ಕಾಲು ಎತ್ತಿ ಕುರ್ಚಿ ಮೇಲಿಡಿ.”

ಮುಂದೆ ಬಂದವಳು ಚೈತ್ರಾ. ಕಾಲಿಗೆ ಕೈ ಹಾಕುವ ಮೊದಲು ಅವಳು ತನ್ನ ದುಪಟ್ಟಾ ತೆಗೆದು ನನ್ನ ಮೊಣಕಾಲಿನಿಂದ ಪಾದದವರೆಗೆ ಹೊದಿಸಿದಳು. ಸೀರೆ ಸರಿಯದ ಹಾಗೆ ಅಂಚನ್ನು ಕೆಳಗೆ ಸಿಕ್ಕಿಸಿದಳು. ಆಮೇಲೆ ಕಾಲೆತ್ತಿದಳು. ಅಷ್ಟು ಜನರ ನಡುವೆ ನನ್ನ ಮಾನದ ಯೋಚನೆ ಬಂದದ್ದು ಅವಳಿಗೆ ಮಾತ್ರ. ನಾನು ಅನುಕಂಪದ ಬಗ್ಗೆ ಹೇಳಬೇಕೆಂದಿದ್ದ ಮಾತುಗಳನ್ನೆಲ್ಲ ರಾತ್ರಿಯಿಂದ ಹುಡುಕಿದ್ದೆನಲ್ಲ, ಅವು ಆ ದುಪಟ್ಟಾದಷ್ಟು ಉದ್ದವಿರಲಿಲ್ಲ.

“ಯಾರು ಕಲಿಸಿದ್ರಮ್ಮ ನಿಂಗೆ?” ಎಂದೆ.

“ಅಜ್ಜಿ ಹಾಸಿಗೆ ಹಿಡಿದಿದ್ರು ಮೇಡಂ. ಬಟ್ಟೆ ಸರಿದ್ರೆ ಅಳ್ತಿದ್ರು.”

“ನಾಡಿ ಹಿಡಿ. ಹೆಬ್ಬೆರಳಲ್ಲಿ ಅಲ್ಲ, ಅದಕ್ಕೆ ತನ್ನದೇ ಬಡಿತ ಇರುತ್ತೆ. ಮೂರು ಬೆರಳು, ಮಣಿಕಟ್ಟಲ್ಲಿ, ಹೆಬ್ಬೆರಳಿನ ಕಡೆಗೆ. ಸಿಕ್ತಾ? ಪೂರ್ತಿ ಒಂದು ನಿಮಿಷ ಎಣಿಸು.”

ಅವಳ ಕೈಯಲ್ಲಿ ಗಡಿಯಾರವಿರಲಿಲ್ಲ. ಒಬ್ಬರು ತಮ್ಮದನ್ನು ಬಿಚ್ಚಿ ಅವಳ ಮುಂದೆ ಹಿಡಿದರು. ನೋಡಿದರೆ ಕೆಂಪಣ್ಣ. ಅಪ್ಪ ಮುಳ್ಳು ನೋಡುತ್ತಿದ್ದರು, ಮಗಳು ತುಟಿಯಲ್ಲೇ ಎಣಿಸುತ್ತಿದ್ದಳು. ನಾನು ಅಷ್ಟಕ್ಕೇ ಮುಗಿಸಬಹುದಿತ್ತು, ಆದರೆ ಹೊಟ್ಟೆ ತೊಳಸಿತು.

“ಪಕ್ಕಕ್ಕೆ ತಿರುಗಿಸು, ಬೇಗ” ಎನ್ನುವುದರೊಳಗೆ ಕಾಫಿ ಹೊರಬಂತು. ಬಿದ್ದದ್ದು ಅವಳ ಹೊಸ ಚೂಡಿದಾರದ ಮೇಲೆ. ಅವಳು ಹಿಂದೆ ಸರಿಯಲಿಲ್ಲ. ನನ್ನ ತಲೆಯನ್ನು ಓರೆಯಾಗಿ ಹಿಡಿದುಕೊಂಡು, “ಪರ್ವಾಗಿಲ್ಲ ಮೇಡಂ, ಆಯ್ತು, ಆಯ್ತು” ಅನ್ನುತ್ತಿದ್ದಳು. ರೇಖಾ ಪ್ರಯೋಗಾಲಯದಿಂದ ಬಿಪಿ ನೋಡುವ ಯಂತ್ರ, ಸಕ್ಕರೆ ನೋಡುವ ಯಂತ್ರ ತಂದಳು. ಬಿಪಿ ಇಳಿದಿತ್ತು, ಸಕ್ಕರೆಯೂ ತಳದಲ್ಲಿತ್ತು. ನಿಧಾನಕ್ಕೆ ಎಬ್ಬಿಸಿ ಕೂರಿಸಿ, ಆಮೇಲೆ ಗ್ಲೂಕೋಸ್ ನೀರು ಕೊಟ್ಟರು. ನಾನು ಕುಡಿಯುತ್ತಾ, “ವಾಂತಿ ಒರೆಸೋ ಮೊದಲು ಗ್ಲೌಸು. ಆಮೇಲೆ ಕೈ ತೊಳೀಬೇಕು, ಬೆರಳ ಸಂದಿ, ಉಗುರಿನ ಬುಡ, ಎಲ್ಲ” ಎಂದೆ. ಹೊಸ ಬ್ಯಾಚು ಸಾಲಾಗಿ ನಲ್ಲಿಯ ಕಡೆ ಹೋಯಿತು. ಏನೂ ಮುಟ್ಟದವರೂ ಹೋದರು.

ಇನ್ನೇನು ಮಾತಾಡುವುದು? ಕುರ್ಚಿಯಲ್ಲಿ ಕೂತು “ನಿಮ್ಮೆಲ್ಲರಿಗೂ ಸ್ವಾಗತ” ಎಂದೆ. ಚಪ್ಪಾಳೆ ಬಿತ್ತು. ಪ್ರಾಂಶುಪಾಲರಿಗೆ ಇಷ್ಟು ಚಪ್ಪಾಳೆ ಬಿದ್ದದ್ದನ್ನು ನಾನು ಕಂಡಿಲ್ಲ. ಅವರು ಫೋನಿನಲ್ಲಿ ವಿಚಾರಿಸಿದಾಗ ಇದನ್ನು ಹೇಳಲಿಲ್ಲ. ಯಜಮಾನರಿಗೆ ಮಾತ್ರ “ಅರ್ಧ ನಿಂತು, ಅರ್ಧ ಮಲಗಿ ಮಾಡಿದೆ” ಎಂದೆ. ಅವರು ಅದನ್ನು ಮಾತಿನ ಅಲಂಕಾರವೆಂದುಕೊಂಡರು.

ಎಲ್ಲ ಮುಗಿದು ನಾನು ಮೆಟ್ಟಿಲ ಬಳಿ ರೇಖಾಳ ತೋಳು ಹಿಡಿದು ಇಳಿಯುತ್ತಿದ್ದಾಗ ಕೆಂಪಣ್ಣ ಅಡ್ಡ ಬಂದರು. ಪಕ್ಕದಲ್ಲಿ ಚೈತ್ರಾ, ಅರ್ಧ ಒದ್ದೆ ಬಟ್ಟೆಯಲ್ಲಿ. ಕವರು ಅವರ ಕೈಯಲ್ಲಿರಲಿಲ್ಲ.

“ಆಫೀಸಲ್ಲಿ ಕೊಟ್ಬುಟ್ಟೆ ಮೇಡಂ” ಎಂದರು. “ಮನೇಲಿ ಕುಡಿದ ಲೋಟ ಎತ್ತಿಡಲ್ಲ ಇವ್ಳು. ನಮ್ಮವ್ವ ಮಲಗಿದ್ದಾಗ ನಾನು ಸೈಟು ಸೈಟು ಅಂತ ಓಡಾಡ್ತಿದ್ದೆ. ಇವ್ಳು ಏನ್ ಮಾಡ್ತಿದ್ಳು ಅಂತ ನೋಡೇ ಇರ್ಲಿಲ್ಲ.” ಅವರು ಮಗಳ ಒದ್ದೆ ತೋಳನ್ನೊಮ್ಮೆ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ಬಗ್ಗಿ, ದನಿ ತಗ್ಗಿಸಿದರು.

“ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಬೇರೆ ಕಡೆ ಮೊದಲ್ನೇ ದಿನ ಬರೀ ಭಾಷಣ. ನೀವು ಪ್ರಾಕ್ಟಿಕಲ್ಲೇ ಮಾಡ್ಸುದ್ರಿ. ರೋಗಿ ಹೇಳಿ ಕೇಳಿ ಬೀಳೋದಿಲ್ಲ ಅಂತ ಹೇಳ್ತಾ ಹೇಳ್ತಾ ಕರೆಕ್ಟಾಗಿ ಧಡ್ ಅಂತ ಬಿದ್ರಲ್ಲ, ಅದು ಸರಿ. ಆದ್ರೆ ಆ ವಾಂತಿ… ಅದನ್ನ ಹೆಂಗ್ ಮಾಡುದ್ರಿ?”

ರೇಖಾ ಗೋಡೆಯ ಕಡೆ ತಿರುಗಿದಳು. ಚೈತ್ರಾ ನನ್ನನ್ನೇ ನೋಡುತ್ತಿದ್ದಳು.

“ಅದಕ್ಕೆಲ್ಲ ಬಹಳ ವರ್ಷದ ಸರ್ವಿಸ್ ಬೇಕು ಸರ್” ಎಂದೆ. ಅವರು ಕೈ ಮುಗಿದರು. ನಾನೂ ಗಂಭೀರವಾಗಿ ಕೈ ಮುಗಿದು, ತಲೆಯ ಹಿಂದೆ ಎದ್ದಿದ್ದ ನಿಂಬೆಹಣ್ಣಿನಷ್ಟು ದಪ್ಪನೆಯ ಬುಗುಟು ಅವರಿಗೆ ಕಾಣದಂತೆ ಸೆರಗು ಹೊದ್ದುಕೊಂಡು, ಗೋಡೆಗೆ ಬೆನ್ನು ಮಾಡಿ ಮಿಕ್ಕ ಮೆಟ್ಟಿಲುಗಳನ್ನು ಅಡ್ಡಡ್ಡವಾಗಿ ಇಳಿದೆ.